ತಣ್ಣೀರಿನ ನಲ್ಲಿಯಲ್ಲಿ ಬಿಸಿನೀರು ಬಂದರೆ

ಸೋಲಾರ್ ಇರುವ ಮನೆಗಳಿಂದ ಬರುವ ದೂರು ಇದು. ಬೆಳಗ್ಗೆ ಅಡುಗೆಮನೆಯ ತಣ್ಣೀರಿನ ನಲ್ಲಿ ತಿರುಗಿಸಿದರೆ ಮೊದಲು ತಣ್ಣೀರು ಬರುತ್ತದೆ, ಸ್ವಲ್ಪ ಹೊತ್ತಿಗೆ ಬೆಚ್ಚಗಾಗುತ್ತದೆ, ಆಮೇಲೆ ಪಾತ್ರೆ ತೊಳೆಯುವವರು ಕೈ ಹಿಂದಕ್ಕೆ ಎಳೆದುಕೊಳ್ಳುವಷ್ಟು ಬಿಸಿಯಾಗುತ್ತದೆ. ಕಮೋಡಿನ ಫ್ಲಶ್ ಟ್ಯಾಂಕಿನಲ್ಲಿ ಹಬೆಯಾಡುತ್ತದೆ. ಸ್ನಾನಕ್ಕೆ ಹೊರಡುವ ಹೊತ್ತಿಗೆ ಮಾತ್ರ ಸೋಲಾರ್ ನೀರು ಉಗುರುಬೆಚ್ಚಗೆ. ನಿನ್ನೆ ಹೀಗಿರಲಿಲ್ಲ, ನಾಳೆ ಹೀಗಿರದೆಯೂ ಇರಬಹುದು.

ಇದನ್ನು ಸಣ್ಣ ಕಿರಿಕಿರಿಯೆಂದು ಬಿಡುವಂತಿಲ್ಲ. ಸೋಲಾರ್ ನೀರು 60 ಡಿಗ್ರಿ ದಾಟುವುದು ನಮ್ಮ ಬೇಸಿಗೆಯಲ್ಲಿ ಮಾಮೂಲು, ಮತ್ತು 60 ಡಿಗ್ರಿಯ ನೀರು ದೊಡ್ಡವರ ಚರ್ಮವನ್ನೇ ಐದಾರು ಸೆಕೆಂಡಿನಲ್ಲಿ ಸುಡುತ್ತದೆ. ಮಗುವನ್ನು ತೊಳೆಯಲು ತಣ್ಣೀರೆಂದು ನಂಬಿ ಹೆಲ್ತ್ ಫಾಸೆಟ್ ಒತ್ತುವ ಕೈಗೆ ಅಷ್ಟು ಸಮಯವೂ ಸಿಗದಿರಬಹುದು. ಕುಡಿಯುವ ನೀರಿನ ಆರ್‌ಒ ಯಂತ್ರಕ್ಕೂ ಇದೇ ತಣ್ಣೀರಿನ ಲೈನಿನಿಂದ ನೀರು ಹೋಗುತ್ತಿದ್ದರೆ, 45 ಡಿಗ್ರಿಗಿಂತ ಬಿಸಿಯಾದ ನೀರು ಅದರ ಪೊರೆಯನ್ನು ಹಾಳುಮಾಡುತ್ತದೆ.

ಮೊದಲು ಬಿಸಿಲನ್ನು ಬೇರ್ಪಡಿಸಿಕೊಳ್ಳಬೇಕು. ಮಧ್ಯಾಹ್ನದ ಹೊತ್ತು ತಾರಸಿಯ ಮೇಲಿನ ಪೈಪೂ ಟ್ಯಾಂಕೂ ಕಾದು ನಲ್ಲಿಯಲ್ಲಿ ಬಿಸಿನೀರು ಬರುವುದು ದೋಷವಲ್ಲ. ಮುಕ್ಕಾಲು ಇಂಚಿನ ಪೈಪಿನಲ್ಲಿ ಮೀಟರಿಗೆ ಸುಮಾರು ಕಾಲು ಲೀಟರ್ ನೀರು ನಿಲ್ಲುತ್ತದೆ. ಇಪ್ಪತ್ತು ಮೀಟರ್ ಪೈಪೆಂದರೆ ಐದು ಲೀಟರ್. ಆದ್ದರಿಂದ ಸೂರ್ಯ ಹುಟ್ಟುವ ಮೊದಲು ಪರೀಕ್ಷೆ ಮಾಡಿ, ಒಂದು ಬಕೆಟ್ ಪೂರ್ತಿ ತುಂಬಿಸಿ. ಬಕೆಟ್ ತುಂಬಿದ ಮೇಲೂ ಬಿಸಿನೀರೇ ಬರುತ್ತಿದ್ದರೆ ಅದು ಬಿಸಿಲಿನ ಕೆಲಸವಲ್ಲ. ಗೀಸರ್ ಹತ್ತಿರದ ನಲ್ಲಿಯಲ್ಲಿ ಒಂದು ಲೋಟದಷ್ಟು ಬಿಸಿನೀರು ಬಂದು ನಿಂತುಹೋಗುವುದು ಬೇರೆಯೇ ವಿಷಯ. 15 ಲೀಟರ್ ನೀರು 25ರಿಂದ 60 ಡಿಗ್ರಿಗೆ ಕಾದಾಗ ಸುಮಾರು ಕಾಲು ಲೀಟರಿಗೆ ಹತ್ತಿರ ಹಿಗ್ಗುತ್ತದೆ. ಗೀಸರಿನ ಒಳಬಾಯಿಯಲ್ಲಿ ನೀರು ಹಿಂದಕ್ಕೆ ಹೋಗದಂತೆ ತಡೆಯುವ ಎನ್‌ಆರ್‌ವಿ ಕೆಟ್ಟಿದ್ದರೆ ಆ ಹಿಗ್ಗಿದ ನೀರು ತಣ್ಣೀರಿನ ಪೈಪಿಗೆ ಮರಳುತ್ತದೆ, ಅಷ್ಟೇ.

ನಿಲ್ಲದೆ ಬರುವ ಬಿಸಿನೀರಿಗೆ ಎರಡು ಸಂಗತಿ ಒಟ್ಟಿಗೆ ಕೂಡಬೇಕು. ಮನೆಯಲ್ಲಿ ಎಲ್ಲೋ ಒಂದು ಕಡೆ ಬಿಸಿ ಮತ್ತು ತಣ್ಣೀರಿನ ಪೈಪುಗಳು ಒಂದಕ್ಕೊಂದು ತೆರೆದುಕೊಂಡಿರಬೇಕು. ಅದರ ಜೊತೆಗೆ ಬಿಸಿನೀರಿನ ಕಡೆ ಒತ್ತಡ ಹೆಚ್ಚಿರಬೇಕು. ಪೈಪು ತೆರೆದಿದ್ದೂ ತಿಂಗಳುಗಟ್ಟಲೆ ಯಾರಿಗೂ ಗೊತ್ತಾಗದೆ ಇರುವುದಕ್ಕೆ ಈ ಎರಡನೆಯ ಷರತ್ತೇ ಕಾರಣ. ನಮ್ಮ ಸಾಮಾನ್ಯ ಮನೆಗಳಲ್ಲಿ ಸೋಲಾರ್ ಟ್ಯಾಂಕಿಗೂ ನಲ್ಲಿಗಳಿಗೂ ಒಂದೇ ಓವರ್‌ಹೆಡ್ ಟ್ಯಾಂಕಿನಿಂದ ನೀರು. ಎಲ್ಲ ನಲ್ಲಿಗಳೂ ಮುಚ್ಚಿದ್ದಾಗ ಎರಡೂ ಲೈನಿನಲ್ಲಿ ಒತ್ತಡ ಹೆಚ್ಚುಕಡಿಮೆ ಸಮ. ಟ್ಯಾಂಕಿನ ನೀರಿನ ಮಟ್ಟ ನಲ್ಲಿಗಿಂತ ಎಂಟು ಮೀಟರ್ ಮೇಲಿದ್ದರೆ ಎರಡರಲ್ಲೂ ಸುಮಾರು 0.8 ಬಾರ್. ಸಮ ಇರುವವರೆಗೆ ನೀರು ಎತ್ತಲೂ ಹರಿಯುವುದಿಲ್ಲ. ಅಡುಗೆಮನೆಯ ತಣ್ಣೀರಿನ ನಲ್ಲಿ ತೆರೆದ ಕ್ಷಣ ಆ ಲೈನಿನಲ್ಲಿ ಹರಿವು ಶುರುವಾಗಿ, ಪೈಪಿನ ಘರ್ಷಣೆಯಿಂದ ಒತ್ತಡ ಇಳಿಯುತ್ತದೆ. ಬಿಸಿನೀರನ್ನು ಯಾರೂ ಬಳಸುತ್ತಿಲ್ಲವಾದ್ದರಿಂದ ಅಲ್ಲಿ ಒತ್ತಡ ಹಾಗೇ ಇದೆ. ಪೈಪುಗಳು ಕೂಡಿರುವ ಜಾಗದಲ್ಲಿ ಬಿಸಿನೀರು ತಣ್ಣೀರಿನ ಕಡೆಗೆ ನುಗ್ಗುತ್ತದೆ. ನಲ್ಲಿ ಮುಚ್ಚಿದರೆ ನಿಲ್ಲುತ್ತದೆ. ತಣ್ಣೀರಿನ ಲೈನಿಗೆ ಮಾತ್ರ ಪ್ರೆಷರ್ ಪಂಪ್ ಹಾಕಿಸಿದ ಮನೆಯಲ್ಲಿ ಇದೇ ದೋಷ ತಿರುಗುಮುರುಗಾಗಿ, ಬಿಸಿನೀರಿನ ನಲ್ಲಿಯಲ್ಲಿ ತಣ್ಣೀರು ಬರುತ್ತದೆ, ಕೆಲವೆಡೆ ಸೋಲಾರಿನ ಗಾಳಿಕೊಳವೆಯಿಂದ ನೀರು ಉಕ್ಕಿ ತಾರಸಿಗೆ ಬೀಳುತ್ತದೆ.

ಹಾಗಾದರೆ ಕೂಡುವ ಜಾಗ ಯಾವುದು? ಗೋಡೆಯೊಳಗೆ ಪ್ಲಂಬರ್ ಪೈಪು ಅದಲುಬದಲು ಮಾಡಿರಬೇಕು ಎಂಬ ಅನುಮಾನ ಎಲ್ಲರಿಗೂ ಮೊದಲು ಬರುತ್ತದೆ. ಹೊಸ ಮನೆಯಲ್ಲಿ, ಮೊದಲ ದಿನದಿಂದಲೇ ಹೀಗಿದ್ದರೆ ಅದು ಸಾಧ್ಯ. ವರ್ಷಗಟ್ಟಲೆ ಸರಿಯಾಗಿದ್ದ ಮನೆಯಲ್ಲಿ ಗೋಡೆಯೊಳಗಿನ ಪೈಪು ಒಂದು ದಿನ ತಾನಾಗಿ ಬೇರೆ ಪೈಪಿಗೆ ಸೇರಿಕೊಳ್ಳುವುದಿಲ್ಲ. ಆದ್ದರಿಂದ ಟೈಲ್ಸ್ ಒಡೆಯೋಣ ಎಂದು ಯಾರಾದರೂ ಹೇಳಿದರೆ ಒಪ್ಪುವ ಮುನ್ನ ಕಣ್ಣಿಗೆ ಕಾಣುವ ಜಾಗಗಳನ್ನು ನೋಡಿ ಮುಗಿಸಬೇಕು.

ನಾನು ಮೊದಲು ಅನುಮಾನಿಸುವುದು ಗೀಸರಿನ ಕೆಳಗಿನ ಜೋಡಣೆಯನ್ನು. ಸೋಲಾರೂ ಗೀಸರೂ ಎರಡೂ ಇರುವ ಬಚ್ಚಲಿನಲ್ಲಿ ಸೋಲಾರ್ ನೀರನ್ನು ಗೀಸರಿನ ಮೂಲಕ ಹಾಯಿಸುವ ಪದ್ಧತಿಯಿದೆ. ಮೋಡ ಕವಿದ ದಿನ ಕಡಿಮೆ ಬಿದ್ದ ಬಿಸಿಯನ್ನು ಗೀಸರ್ ತುಂಬಿಕೊಡಲಿ ಎಂದು. ಸೋಲಾರ್ ರಿಪೇರಿಯಲ್ಲಿದ್ದಾಗ ಬೇಕಾಗುತ್ತದೆಂದು ತಣ್ಣೀರನ್ನೂ ಒಂದು ಟೀ ಮೂಲಕ ಅದೇ ಒಳಬಾಯಿಗೆ ಕೊಟ್ಟಿರುತ್ತಾರೆ. ಎರಡಕ್ಕೂ ಒಂದೊಂದು ಆ್ಯಂಗಲ್ ಕಾಕ್. ಯಾವಾಗಲೂ ಒಂದು ತೆರೆದಿದ್ದರೆ ಇನ್ನೊಂದು ಮುಚ್ಚಿರಬೇಕು. ಆಷಾಢದ ಮಳೆಯಲ್ಲಿ ಸೋಲಾರ್ ನೀರು ಬರೀ ತಣ್ಣಗಿದೆ ಎಂದು ಯಾರೋ ತಣ್ಣೀರಿನ ಕಾಕ್ ತೆರೆಯುತ್ತಾರೆ, ಸೋಲಾರಿನದನ್ನು ಮುಚ್ಚಲು ಮರೆಯುತ್ತಾರೆ. ಆಗ ಏನೂ ಆಗುವುದಿಲ್ಲ, ಎರಡೂ ಕಡೆ ತಣ್ಣೀರೇ ತಾನೆ. ಬಿಸಿಲು ಮರಳಿದ ಮೇಲೆ ದೋಷ ಹೊರಬೀಳುತ್ತದೆ, ಅಷ್ಟರಲ್ಲಿ ಕಾಕ್ ತಿರುಗಿಸಿದ್ದು ಯಾರಿಗೂ ನೆನಪಿರುವುದಿಲ್ಲ. ಗೀಸರ್ ಇನ್ನೂ ಕೂರಿಸದ ಬಚ್ಚಲಿನಲ್ಲೂ ಇದೇ ಅಪಾಯ. ಅಲ್ಲಿ ಗೀಸರ್ ಪಾಯಿಂಟಿನ ಎರಡು ಬಾಯಿಗಳ ನಡುವೆ ಒಂದು ಕನೆಕ್ಷನ್ ಪೈಪ್ ಹಾಕಿ, ಬಿಸಿನೀರಿನ ನಲ್ಲಿಯಲ್ಲೂ ಸದ್ಯಕ್ಕೆ ತಣ್ಣೀರು ಬರುವಂತೆ ಮಾಡಿರುತ್ತಾರೆ. ಆಮೇಲೆ ಸೋಲಾರ್ ಬಂದು ಬಿಸಿನೀರಿನ ಲೈನಿಗೆ ಸೇರಿದರೂ ಆ ಪೈಪ್ ಅಲ್ಲೇ ಉಳಿದಿರುತ್ತದೆ.

ಎರಡನೆಯ ಜಾಗ ಮಿಕ್ಸರ್. ಹಳೆಯ ಮಾದರಿಯ ಎರಡು ತಿರುಗಣೆಯ ಮಿಕ್ಸರಿನಲ್ಲಿ ಬಿಸಿ, ತಣ್ಣೀರು ಬೇರೆಬೇರೆಯಾಗಿ ಮುಚ್ಚುತ್ತವೆ, ಹಾಗಾಗಿ ಅದು ನಂಬಿಕಸ್ಥ. ಆದರೆ ಅದರ ಮುಂದಕ್ಕೆ ಗುಂಡಿ ಒತ್ತಿ ನಿಲ್ಲಿಸುವ ಹ್ಯಾಂಡ್ ಶವರನ್ನೋ ಇನ್ನೊಂದು ಕಾಕನ್ನೋ ಹಾಕಿ, ನೀರನ್ನು ಅಲ್ಲೇ ನಿಲ್ಲಿಸುವ ಅಭ್ಯಾಸ ಮಾಡಿಕೊಂಡರೆ ಎರಡೂ ತಿರುಗಣೆಗಳು ತೆರೆದೇ ಉಳಿಯುತ್ತವೆ, ಮಿಕ್ಸರಿನ ಹೊಟ್ಟೆಯಲ್ಲಿ ಎರಡೂ ಲೈನು ಕೂಡುತ್ತವೆ. ಒಂದೇ ಹಿಡಿಯ ಮಿಕ್ಸರಿನಲ್ಲಿ ಕಾರ್ಟ್ರಿಜ್ ಸವೆದರೆ ಹೀಗಾಗುತ್ತದೆ. ನಿಗದಿತ ಬಿಸಿಗೆ ತಾನೇ ಹೊಂದಿಸಿಕೊಡುವ ಥರ್ಮೋಸ್ಟಾಟಿಕ್ ಮಿಕ್ಸರ್ ಇನ್ನೂ ಸೂಕ್ಷ್ಮ. ಬಹಳಷ್ಟು ಮಾದರಿಗಳಲ್ಲಿ ನೀರು ಮೊದಲು ಬೆರೆತು, ಆಮೇಲೆ ಮುಚ್ಚುವ ಜಾಗಕ್ಕೆ ಬರುತ್ತದೆ. ಅಂದರೆ ಮುಚ್ಚಿದ್ದಾಗಲೂ ಒಳಗೆ ದಾರಿ ತೆರೆದೇ ಇರುತ್ತದೆ. ಅದಕ್ಕೇ ಎರಡೂ ಒಳಬಾಯಿಗಳಲ್ಲಿ ಒಂದೊಂದು ಚೆಕ್ ವಾಲ್ವ್ ಇರುತ್ತದೆ, ಬೆರಳ ತುದಿಯಷ್ಟು ದೊಡ್ಡದು, ಒಳಗೆ ಸ್ಪ್ರಿಂಗು ಮತ್ತು ರಬ್ಬರ್ ಬಳೆ. ಬೋರ್‌ವೆಲ್ಲಿನ ಗಡಸು ನೀರಿನ ಬಿಳಿ ಸುಣ್ಣ ಕಟ್ಟಿ ಅದು ಅರ್ಧ ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಂಡರೆ ತಡೆ ಇಲ್ಲವಾಗುತ್ತದೆ.

ಹುಡುಕುವ ಬಗೆ ಹೇಗೆಂದು ನೋಡಲು ಒಂದು ಎರಡಂತಸ್ತಿನ ಮನೆಯನ್ನು ಕಲ್ಪಿಸಿಕೊಳ್ಳೋಣ. ತಾರಸಿಯಲ್ಲಿ ಟ್ಯಾಂಕು, ಅದರಿಂದ ಸೋಲಾರಿಗೆ ಒಂದು ಪ್ರತ್ಯೇಕ ಪೈಪು, ಮನೆಯ ತಣ್ಣೀರಿಗೆ ಗೇಟ್ ವಾಲ್ವ್ ಇರುವ ಇನ್ನೊಂದು ಪೈಪು. ಮುಂಜಾನೆ ಟ್ಯಾಂಕಿನ ನೀರು 24 ಡಿಗ್ರಿ, ಸೋಲಾರ್ ನೀರು 59, ಅಡುಗೆಮನೆಯ ತಣ್ಣೀರಿನ ನಲ್ಲಿಯದು 38. ತಣ್ಣೀರಿಗಿಂತ ನಲ್ಲಿಯ ನೀರು 14 ಡಿಗ್ರಿ ಹೆಚ್ಚು, ಸೋಲಾರ್ ನೀರು 35 ಡಿಗ್ರಿ ಹೆಚ್ಚು. 14ನ್ನು 35ರಿಂದ ಭಾಗಿಸಿದರೆ 0.4. ತಣ್ಣೀರಿನ ನಲ್ಲಿಯಲ್ಲಿ ಬರುತ್ತಿರುವುದರಲ್ಲಿ ಹತ್ತಕ್ಕೆ ನಾಲ್ಕು ಪಾಲು ಸೋಲಾರ್ ನೀರು. ಇಷ್ಟು ಹರಿಯಬೇಕಾದರೆ ಸವೆದ ಕಾರ್ಟ್ರಿಜ್ಜಿನ ಸಣ್ಣ ಸಂದಿ ಸಾಲದು, ಎಲ್ಲೋ ಪೂರ್ತಿ ತೆರೆದ ದಾರಿಯೇ ಇರಬೇಕು.

ಈಗ ತಾರಸಿಯಲ್ಲಿ ಮನೆಯ ತಣ್ಣೀರಿನ ಗೇಟ್ ವಾಲ್ವನ್ನು ಮುಚ್ಚುತ್ತೇವೆ, ಸೋಲಾರಿನ ಪೈಪನ್ನು ಮುಟ್ಟುವುದಿಲ್ಲ. ಅಡುಗೆಮನೆಯ ತಣ್ಣೀರಿನ ನಲ್ಲಿ ತೆರೆದಿಡುತ್ತೇವೆ. ದೋಷವಿಲ್ಲದ ಮನೆಯಲ್ಲಿ ಪೈಪಿನಲ್ಲಿದ್ದ ನೀರು ಖಾಲಿಯಾಗಿ ನಲ್ಲಿ ನಿಲ್ಲಬೇಕು. ಇಲ್ಲಿ ನಿಲ್ಲುವುದಿಲ್ಲ, ಬದಲಿಗೆ ಇನ್ನಷ್ಟು ಬಿಸಿಯಾಗುತ್ತದೆ. ಕೂಡುದಾರಿ ಇದೆ ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ. ನಲ್ಲಿ ಹರಿಯುತ್ತಿರುವಾಗಲೇ ಒಂದೊಂದೇ ಬಚ್ಚಲಿಗೆ ಹೋಗಿ ತಣ್ಣೀರಿನ ಕಡೆಯ ಕನೆಕ್ಷನ್ ಪೈಪುಗಳನ್ನು ಜೋಪಾನವಾಗಿ ಮುಟ್ಟಿ ನೋಡುತ್ತೇವೆ. ಕೆಳಗಿನ ವಾಶ್‌ಬೇಸಿನ್ನಿನದು ತಣ್ಣಗಿದೆ. ಮೇಲಿನ ಬಚ್ಚಲಿನ ಗೀಸರಿನ ಕೆಳಗೆ ಬಿಸಿ. ಅಲ್ಲಿ ಎರಡೂ ಆ್ಯಂಗಲ್ ಕಾಕ್ ತೆರೆದಿವೆ. ತಣ್ಣೀರಿನದನ್ನು ಮುಚ್ಚಿದ ಕೂಡಲೇ ಅಡುಗೆಮನೆಯ ಧಾರೆ ಕುಸಿಯುತ್ತದೆ.

ಬಹಳ ಜನ ಇಲ್ಲಿಗೆ ನಿಲ್ಲಿಸುತ್ತಾರೆ. ನಿಲ್ಲಿಸಬಾರದು. ಧಾರೆ ಕುಸಿದಿದೆಯೇ ಹೊರತು ಪೂರ್ತಿ ನಿಂತಿಲ್ಲ, ದಾರದಷ್ಟು ತೆಳ್ಳಗೆ ಬೆಚ್ಚನೆಯ ನೀರು ಇಳಿಯುತ್ತಲೇ ಇದೆ. ಎರಡನೆಯ ಕಳ್ಳದಾರಿ ಇದೆ. ಮೇಲಿನ ಇನ್ನೊಂದು ಬಚ್ಚಲಿನಲ್ಲಿ ಥರ್ಮೋಸ್ಟಾಟಿಕ್ ಮಿಕ್ಸರ್. ತಣ್ಣೀರಿನ ಲೈನು ಹೇಗೂ ಖಾಲಿಯಾಗಿದೆ, ಹಾಗಾಗಿ ಮಿಕ್ಸರ್ ಮುಚ್ಚಿದ ಸ್ಥಿತಿಯಲ್ಲೇ ಅದರ ತಣ್ಣೀರಿನ ಕಡೆಯ ನಟ್ಟನ್ನು ಸ್ಪ್ಯಾನರಿನಿಂದ ನಿಧಾನವಾಗಿ ಸಡಿಲಿಸುತ್ತೇವೆ, ಕೈಗೆ ಬಟ್ಟೆ ಸುತ್ತಿಕೊಂಡು. ಮಿಕ್ಸರಿನ ಒಳಗಿಂದ ಬಿಸಿನೀರು ತೊಟ್ಟಿಕ್ಕುತ್ತದೆ. ಆ ಬಾಯಿಯಿಂದ ಹನಿ ನೀರೂ ಹೊರಬರಬಾರದಿತ್ತು. ಬಿಸಿನೀರಿನ ವಾಲ್ವನ್ನೂ ಮುಚ್ಚಿ, ಚೆಕ್ ವಾಲ್ವನ್ನು ಹೊರತೆಗೆದು ವಿನಿಗರ್‌ನಲ್ಲಿ ನೆನೆಸಿ ಸುಣ್ಣ ಬಿಡಿಸಬಹುದು. ರಬ್ಬರ್ ಬಳೆ ಗಟ್ಟಿಯಾಗಿದ್ದರೆ ಬದಲಿಸುವುದೇ ಮೇಲು, ಅದೂ ಎರಡೂ ಕಡೆಯದನ್ನು. ಮತ್ತೆ ಗೇಟ್ ವಾಲ್ವ್ ಮುಚ್ಚಿ ಅದೇ ಪರೀಕ್ಷೆ. ಈ ಸಲ ನಲ್ಲಿ ಪೂರ್ತಿ ಒಣಗಬೇಕು.

ಸೋಲಾರಿಗೂ ನಲ್ಲಿಗಳಿಗೂ ಒಂದೇ ಇಳಿಪೈಪು ಇರುವ ಮನೆಯಲ್ಲಿ ಈ ಪರೀಕ್ಷೆ ನಡೆಯುವುದಿಲ್ಲ, ವಾಲ್ವ್ ಮುಚ್ಚಿದರೆ ಎರಡೂ ನಿಂತುಬಿಡುತ್ತವೆ. ಅಲ್ಲಿ ಸೋಲಾರಿನಿಂದ ಹೊರಡುವ ಬಿಸಿನೀರಿನ ವಾಲ್ವನ್ನು ಮುಚ್ಚಿ ನೋಡಬೇಕು. ಅಡುಗೆಮನೆಯ ನೀರು ತಣ್ಣಗಾದರೆ ಕೂಡುದಾರಿ ಮನೆಯೊಳಗಿದೆ. ಆಗಲೂ ಬೆಚ್ಚಗೇ ಇದ್ದರೆ ಸೋಲಾರ್ ಟ್ಯಾಂಕಿನ ಬಿಸಿನೀರು ತನ್ನ ತಣ್ಣೀರಿನ ಒಳಪೈಪಿನಲ್ಲೇ ಹಿಂದಕ್ಕೆ ಇಳಿಯುತ್ತಿದೆ, ತಾರಸಿಯಲ್ಲಿ ಅಲ್ಲೊಂದು ಎನ್‌ಆರ್‌ವಿ ಬೇಕು.

ಎನ್‌ಆರ್‌ವಿ ಎಲ್ಲೆಲ್ಲೂ ಹಾಕಿಸಿದರೆ ಸಮಸ್ಯೆಯೇ ಇರದು ಎಂದು ಅನ್ನಿಸಬಹುದು. ಸ್ಪ್ರಿಂಗ್ ಇರುವ ಎನ್‌ಆರ್‌ವಿ ತೆರೆಯಲು ಸ್ವಲ್ಪ ಒತ್ತಡ ಬೇಕು. ಟ್ಯಾಂಕಿನ ಕೆಳಗೇ ಇರುವ ಮೇಲಂತಸ್ತಿನಲ್ಲಿ ಎರಡು ಮೂರು ಮೀಟರಿನ ಒತ್ತಡ ಮಾತ್ರ ಇರುವುದರಿಂದ ಶವರಿನ ಧಾರೆ ಇನ್ನೂ ಸಣ್ಣಗಾಗುತ್ತದೆ. ಅಂಥಲ್ಲಿ ಸ್ಪ್ರಿಂಗಿಲ್ಲದ, ಬಾಗಿಲಿನಂತೆ ತೂಗುವ ಸ್ವಿಂಗ್ ಮಾದರಿ ವಾಸಿ. ಅದನ್ನು ಮಲಗಿದ ಪೈಪಿನಲ್ಲಿ, ಮೈಮೇಲಿನ ಬಾಣದ ಗುರುತು ನೀರು ಹರಿಯುವ ದಿಕ್ಕಿಗೆ ಇರುವಂತೆ ಕೂರಿಸಬೇಕು. ಗೀಸರಿನ ಟೀಯಲ್ಲಿ ತಣ್ಣೀರಿನ ಕವಲಿಗೊಂದು, ಸೋಲಾರಿನ ಕವಲಿಗೊಂದು ಸಾಕು. ಗೋಡೆಯೊಳಗೆ ಹುಗಿಯದೆ, ಸ್ಪ್ಯಾನರ್ ಹಾಕಿ ಬಿಚ್ಚಲು ಬರುವಂತೆ ಹೊರಗೇ ಇರಲಿ. ಗಡಸು ನೀರಿನ ಊರಿನಲ್ಲಿ ಅದಕ್ಕೂ ಸುಣ್ಣ ಕಟ್ಟಿಯೇ ಕಟ್ಟುತ್ತದೆ.