ಹಾಲು ತಂಪಾದರೆ ಎಷ್ಟು ಉಳಿಯುತ್ತದೆ?

ತುಮಕೂರು ಕಡೆಯ ಒಂದು ಹಳ್ಳಿಯ ಡೇರಿಯವರು ಬ್ಯಾಂಕಿನಿಂದ ವಾಪಸ್ ಬಂದ ಪ್ರಾಜೆಕ್ಟ್ ರಿಪೋರ್ಟ್ ಹಿಡಿದು ನನ್ನಲ್ಲಿಗೆ ಬಂದಿದ್ದರು. ಸಂಘಗಳ ಲೆಕ್ಕಪತ್ರ ನೋಡುವುದು ನನ್ನ ಕೆಲಸ. ಊರಿಗೊಂದು ಬಿಎಂಸಿ ಬೇಕು ಎಂಬುದು ಅವರ ಬೇಡಿಕೆ. ಬಿಎಂಸಿ ಎಂದರೆ ಕರೆದ ಹಾಲನ್ನು ಊರಲ್ಲೇ 4 ಡಿಗ್ರಿಗೆ ತಂಪು ಮಾಡಿ ಇಡುವ ದೊಡ್ಡ ಸ್ಟೀಲ್ ಟ್ಯಾಂಕು. ಅದು ಬಂದರೆ ಕ್ಯಾನುಗಳನ್ನು ಹೊತ್ತೊಯ್ಯುವ ಲಾರಿ ಬದಲು ದಿನಕ್ಕೊಮ್ಮೆ ಟ್ಯಾಂಕರ್ ಬರುತ್ತದೆ. ಬ್ಯಾಂಕಿನವರು ರಿಪೋರ್ಟಿನ ಅಂಚಿನಲ್ಲಿ ಒಂದೇ ಸಾಲು ಬರೆದಿದ್ದರು: ಲಾಭದ ಭಾಗಕ್ಕೆ ಆಧಾರ ಕೊಡಿ.

ಆ ಭಾಗ ಹೀಗಿತ್ತು: "ಹಾಲು ಹುಳಿಯುವುದು ಸಂಪೂರ್ಣವಾಗಿ ನಿಲ್ಲುತ್ತದೆ. ಗುಣಮಟ್ಟ ಗಣನೀಯವಾಗಿ ಸುಧಾರಿಸುತ್ತದೆ. ಸಾಗಣೆ ವೆಚ್ಚ ಹಾಗೂ ಸಿಬ್ಬಂದಿಯ ಸಮಯ ಉಳಿಯುತ್ತದೆ. ಉತ್ಪಾದಕರ ಆದಾಯ ಹೆಚ್ಚುತ್ತದೆ. ವರ್ಷಕ್ಕೆ ಸುಮಾರು 3 ಲಕ್ಷ ರೂಪಾಯಿ ಲಾಭವಾಗಿ, ಹಾಕಿದ 9 ಲಕ್ಷ ಮೂರೇ ವರ್ಷದಲ್ಲಿ ಹಿಂದಿರುಗುತ್ತದೆ."

ಬರೆದವರಿಗೆ ಮೋಸದ ಉದ್ದೇಶವಿರಲಿಲ್ಲ. ಆದರೆ 'ಗಣನೀಯ' ಎಂದರೆ ಎಷ್ಟು, ಯಾರ ಸಮಯ, ಯಾರ ವೆಚ್ಚ, ಯಾವುದಕ್ಕೆ ಹೋಲಿಸಿದರೆ ಎಂದು ಕೇಳಿದರೆ ಉತ್ತರ ಅಲ್ಲಿಲ್ಲ. ಐದು ವರ್ಷದ ನಂತರ ಈ ಮಾತು ನಿಜವಾಯಿತೋ ಇಲ್ಲವೋ ಎಂದು ಯಾರೂ ಹೇಳಲಾರರು. ನಾವು ಆ ಪುಟವನ್ನು ಮೂರು ಸಂಜೆ ಕೂತು ತಿರುಗಿ ಬರೆದೆವು. ಇಲ್ಲಿರುವ ದರ, ಮೊತ್ತಗಳೆಲ್ಲ ಆ ಒಂದು ಡೇರಿಯವು. ಪಕ್ಕದ ಊರಿಗೇ ಅವು ಬೇರೆಯಾಗುತ್ತವೆ. ಲೆಕ್ಕ ಕಟ್ಟಿದ ದಾರಿ ಮಾತ್ರ ಎಲ್ಲಿಗಾದರೂ ಹೊಂದುತ್ತದೆ.

ಮೊದಲು ಕೈಗೆತ್ತಿಕೊಂಡಿದ್ದು ಹುಳಿ ಹಾಲಿನ ಮಾತನ್ನು. ಇದಕ್ಕೆ ಆಧಾರ ಹುಡುಕಲು ದೂರ ಹೋಗಬೇಕಿರಲಿಲ್ಲ, ಡೇರಿಯ ಕಪಾಟಿನಲ್ಲೇ ರಿಜಿಸ್ಟರ್ ಇತ್ತು. ಹಿಂದಿನ ಹನ್ನೆರಡು ತಿಂಗಳಲ್ಲಿ ಸಂಘ ಕಳಿಸಿದ ಹಾಲು 4,20,000 ಲೀಟರ್. ಅದರಲ್ಲಿ ಒಕ್ಕೂಟ ತಿರಸ್ಕರಿಸಿದ್ದು ಅಥವಾ ದರ ಕಡಿತ ಮಾಡಿದ್ದು 9,600 ಲೀಟರ್. ಲೀಟರಿಗೆ ಸರಾಸರಿ 25 ರೂಪಾಯಿ ನಷ್ಟ ಹಿಡಿದರೆ 2,40,000 ರೂಪಾಯಿ. ಹಳೆಯ ರಿಪೋರ್ಟಿನ 3 ಲಕ್ಷದಲ್ಲಿ ಇದಿಷ್ಟೂ ಸೇರಿತ್ತು.

ರಿಜಿಸ್ಟರಿನ 'ಕಾರಣ' ಕಾಲಮ್ಮನ್ನು ಸಾಲುಸಾಲಾಗಿ ಓದಿದಾಗ ಚಿತ್ರ ಬದಲಾಯಿತು. 3,000 ಲೀಟರ್ ಹೋಗಿದ್ದು ಎಸ್‌ಎನ್‌ಎಫ್ ಕಡಿಮೆ ಎಂದು. ನೀರು ಬೆರೆತ ಹಾಲನ್ನು, ಮೇವು ಸಾಲದ ಹಸುವಿನ ತೆಳು ಹಾಲನ್ನು ಟ್ಯಾಂಕು ಗಟ್ಟಿ ಮಾಡುವುದಿಲ್ಲ. ಉಳಿದ 6,600 ಲೀಟರ್ ಮಾತ್ರ ಹುಳಿ ಎಂದು ಹೋಗಿತ್ತು, ಅದೂ ಹೆಚ್ಚಾಗಿ ಮಾರ್ಚ್‌ನಿಂದ ಮೇವರೆಗೆ, ಲಾರಿ ತಡವಾದ ದಿನಗಳಲ್ಲಿ. ಅಷ್ಟನ್ನೂ ಉಳಿಸಬಹುದೇ? ತಂಪು ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲ, ಬೆಳೆಯುವುದನ್ನು ನಿಧಾನ ಮಾಡುತ್ತದೆ ಅಷ್ಟೆ. ತೊಳೆಯದ ಪಾತ್ರೆಯಲ್ಲಿ ಮನೆಯಿಂದಲೇ ಕೆಟ್ಟು ಬಂದ ಹಾಲು ಟ್ಯಾಂಕಿನಲ್ಲೂ ಕೆಟ್ಟದ್ದೇ. ಇನ್ನು ಕರೆಂಟೂ ಜನರೇಟರೂ ಒಟ್ಟಿಗೆ ಕೈಕೊಡುವ ದಿನಗಳೂ ಇವೆ. ಹಾಗಾಗಿ ನೂರಕ್ಕೆ ಎಂಬತ್ತು ಪಾಲು ಉಳಿಯುತ್ತದೆ ಎಂದು ಹಿಡಿದು, ಅದು ನಮ್ಮ ಊಹೆ ಎಂದೇ ಬರೆದೆವು. 5,280 ಲೀಟರ್, 1,32,000 ರೂಪಾಯಿ. 'ಸಂಪೂರ್ಣವಾಗಿ ನಿಲ್ಲುತ್ತದೆ' ಎಂಬ ಮಾತು ಅರ್ಧದ ಹತ್ತಿರಕ್ಕೆ ಇಳಿಯಿತು.

ಸಮಯ ಉಳಿಯುತ್ತದೆ ಎಂಬುದಕ್ಕೆ ಹಳೆಯ ಲೆಕ್ಕದಲ್ಲಿ 60,000 ರೂಪಾಯಿ ಇತ್ತು. ಬೆಳಗ್ಗೆ, ಸಂಜೆ ಲಾರಿ ಕಾಯುವ ಹೊತ್ತನ್ನು ಸಂಬಳದ ದರದಲ್ಲಿ ಗುಣಿಸಿದ್ದರು. "ಟ್ಯಾಂಕು ಬಂದ ಮೇಲೆ ನಿಮ್ಮ ಸಂಬಳ ಕಡಿಮೆ ಮಾಡ್ತಾರಾ?" ಎಂದು ಕಾರ್ಯದರ್ಶಿಯನ್ನು ಕೇಳಿದೆ.

"ಎಲ್ಲಾದರೂ ಉಂಟಾ ಸಾರ್? ಟ್ಯಾಂಕು ತೊಳೆಯೋದು ಬೇರೆ ಸೇರ್ಕೊಳ್ಳುತ್ತೆ" ಎಂದರು.

ಉಳಿದ ಸಮಯ ಹಣವಾಗಬೇಕಾದರೆ ಸಂಬಳದ ಬಿಲ್ಲು ಇಳಿಯಬೇಕು, ಇಲ್ಲವೇ ಆ ಹೊತ್ತಿನಲ್ಲಿ ದುಡ್ಡು ತರುವ ಬೇರೆ ಕೆಲಸ ನಡೆಯಬೇಕು. ಎರಡೂ ಇಲ್ಲದಿದ್ದರೆ ಅದು ಅನುಕೂಲವೇ ಹೊರತು ಆದಾಯವಲ್ಲ. 60,000 ಹೊಡೆದುಹಾಕಿದೆವು. ನಾನು ನೋಡಿದ ರಿಪೋರ್ಟುಗಳಲ್ಲಿ ಅತಿ ಹೆಚ್ಚು ಸಲ ಕಂಡ ತಪ್ಪು ಇದೇ.

ಸಾಗಣೆಯ ಉಳಿತಾಯ ನಿಜವೇ, ಆದರೆ ಇಲ್ಲಿ ಲಾರಿ ಬಾಡಿಗೆ ಕೊಡುತ್ತಿದ್ದುದು ಒಕ್ಕೂಟ. ಉಳಿತಾಯವೂ ಅವರದೇ. ಉತ್ಪಾದಕರ ಆದಾಯ ಹೆಚ್ಚುತ್ತದೆ ಎಂಬುದಂತೂ ಹುಳಿಯದೆ ಉಳಿದ ಹಾಲಿನ ಅದೇ ರೂಪಾಯಿ. ಒಂದನ್ನೇ ಎರಡು ಹೆಸರಿನಲ್ಲಿ ಎಣಿಸಿದಂತೆ. ಎರಡನ್ನೂ ಲೆಕ್ಕದಿಂದ ತೆಗೆದೆವು.

ಇಷ್ಟಾಗುವಾಗ ಅಧ್ಯಕ್ಷರ ಮುಖ ಸಣ್ಣಗಾಗಿತ್ತು. ಆದರೆ ಹೀಗೆ ಕೆದಕುವಾಗಲೇ ಬಿಟ್ಟುಹೋಗಿದ್ದ ಒಂದು ದೊಡ್ಡ ಲಾಭವೂ ಸಿಕ್ಕಿತು. ಹಾಲನ್ನು ತಂಪು ಮಾಡಿ ಕೊಡುವ ಸಂಘಕ್ಕೆ ಒಕ್ಕೂಟ ಲೀಟರಿಗೆ 60 ಪೈಸೆ ಕೊಡುತ್ತಿತ್ತು. ಹಳೆಯ ರಿಪೋರ್ಟಿನಲ್ಲಿ ಅದರ ಸುದ್ದಿಯೇ ಇರಲಿಲ್ಲ! ವರ್ಷಕ್ಕೆ 2,52,000 ರೂಪಾಯಿ. ಒಟ್ಟು ಲಾಭ 3,84,000 ಎಂದಾಯಿತು, ಹಳೆಯದಕ್ಕಿಂತ ಹೆಚ್ಚೇ. ಜೊತೆಗೆ ಒಂದು ಊಹೆಯನ್ನೂ ಬರೆದೆವು: ಈ ದರ ಇಂಥ ದಿನಾಂಕದ ಪತ್ರದ್ದು, ಇಷ್ಟು ವರ್ಷ ಇರುತ್ತದೆಂಬ ಭರವಸೆ ಪತ್ರದಲ್ಲಿಲ್ಲ.

ನಂತರ ಖರ್ಚು. ಹಳೆಯ ರಿಪೋರ್ಟಿನಲ್ಲಿ ಟ್ಯಾಂಕಿನ 9 ಲಕ್ಷ ಬಿಟ್ಟರೆ ಬೇರೆ ಖರ್ಚೇ ಇರಲಿಲ್ಲ. ಜನರೇಟರ್‌ಗೆ ಮೂರೂವರೆ ಲಕ್ಷ. ಕಾಂಕ್ರೀಟ್ ನೆಲ, ಚರಂಡಿ, ತ್ರೀ ಫೇಸ್ ಕನೆಕ್ಷನ್ನಿಗೆ ಒಂದೂವರೆ ಲಕ್ಷ. ಬಂಡವಾಳವೇ 14 ಲಕ್ಷಕ್ಕೆ ಏರಿತು.

ಪ್ರತಿವರ್ಷದ ಖರ್ಚಿನಲ್ಲಿ ದೊಡ್ಡದು ಕರೆಂಟು. ಇದನ್ನು ಮಾರಾಟಗಾರರ ಕರಪತ್ರದಿಂದ ತೆಗೆದುಕೊಳ್ಳದೆ ನಾವೇ ಕಟ್ಟಿದೆವು. 35 ಡಿಗ್ರಿಯ ಒಂದು ಲೀಟರ್ ಹಾಲನ್ನು 4 ಡಿಗ್ರಿಗೆ ಇಳಿಸಲು ಹೊರಗೆ ತೆಗೆಯಬೇಕಾದ ಶಾಖ ಸುಮಾರು 0.035 ಯೂನಿಟ್. ಒಂದು ಯೂನಿಟ್ ಕರೆಂಟು ತಿಂದು ಕಂಪ್ರೆಸರ್ ಎರಡು ಮೂರು ಯೂನಿಟ್ ಶಾಖ ಹೊರಹಾಕುತ್ತದೆ, ಅಂದರೆ ಲೀಟರಿಗೆ ಸುಮಾರು 0.015 ಯೂನಿಟ್ ಸಾಕು. ಆದರೆ ಹಾಲು ಕಲಕುವ ಮೋಟಾರು ಓಡಬೇಕು, ರಾತ್ರಿಯೆಲ್ಲ ತಂಪು ಹಿಡಿದಿಡಬೇಕು, ಬೇಸಿಗೆಯಲ್ಲಿ ಕಂಪ್ರೆಸರ್ ಹೆಚ್ಚು ಎಳೆಯುತ್ತದೆ. 0.025 ಹಿಡಿದು, ಯೂನಿಟ್‌ಗೆ 8 ರೂಪಾಯಿಯಂತೆ ವರ್ಷಕ್ಕೆ 84,000 ರೂಪಾಯಿ ಬಂತು. ಜನರೇಟರ್ ವರ್ಷಕ್ಕೆ 200 ಗಂಟೆ ಓಡಿದರೆ ಡೀಸೆಲ್ 54,000. ತೊಳೆಯುವ ಪುಡಿ, ಬಿಸಿನೀರು, ರಿಪೇರಿ ಒಪ್ಪಂದ ಸೇರಿ 54,000. ಒಟ್ಟು 1,92,000.

ಲಾಭದಲ್ಲಿ ಅರ್ಧ ಖರ್ಚಿಗೇ ಹೋಯಿತು. ವರ್ಷಕ್ಕೆ ಉಳಿಯುವುದು 1,92,000. 14 ಲಕ್ಷ ಹಿಂದಿರುಗಲು ಏಳು ವರ್ಷದ ಮೇಲೆ ಬೇಕು. ಇದರಲ್ಲಿ ಬಡ್ಡಿ ಇನ್ನೂ ಸೇರಿಲ್ಲ. 14 ಲಕ್ಷವನ್ನೂ ಶೇಕಡ 10ರ ಬಡ್ಡಿಗೆ ಹತ್ತು ವರ್ಷಕ್ಕೆ ಸಾಲ ಮಾಡಿದರೆ ವರ್ಷದ ಕಂತು ಸುಮಾರು 2,28,000. ಉಳಿಕೆಗಿಂತ ಕಂತೇ ದೊಡ್ಡದು. ಮೂರು ವರ್ಷವೆಂಬ ಮಾತನ್ನು ನಂಬಿ ಸಾಲ ಕೊಟ್ಟಿದ್ದರೆ ಡೇರಿ ಮೊದಲ ವರ್ಷವೇ ಕಂತಿಗೆ ತಡಕಾಡುತ್ತಿತ್ತು.

ಇನ್ನು ಅಪಾಯಗಳು. "ಮಾರುಕಟ್ಟೆಯ ಏರಿಳಿತ, ನೈಸರ್ಗಿಕ ವಿಕೋಪ" ಎಂದು ಬರೆದು ಮುಗಿಸುವುದು ರೂಢಿ. ನಾವು ಪ್ರತಿ ಊಹೆಯನ್ನೂ ಒಂದೊಂದಾಗಿ ಕೆಡಿಸಿ ನೋಡಿದೆವು. ಒಕ್ಕೂಟ 60 ಪೈಸೆಯನ್ನು 45ಕ್ಕೆ ಇಳಿಸಿದರೆ ಉಳಿಕೆ 1,29,000ಕ್ಕೆ ಬೀಳುತ್ತದೆ. ಖಾಸಗಿ ಡೇರಿಯವರು ಬಂದು ಐದನೇ ಒಂದು ಪಾಲು ಹಾಲು ಅತ್ತ ಹೋದರೂ ಹೆಚ್ಚುಕಡಿಮೆ ಅಷ್ಟೇ ಏಟು, 1,32,000. ಕರೆಂಟಿನ ದರ ಒಂದು ರೂಪಾಯಿ ಏರಿದರೆ ಹೋಗುವುದು ಹತ್ತು ಸಾವಿರ ಮಾತ್ರ. ಕರೆಂಟಿನ ಬಗ್ಗೆ ಎಲ್ಲರೂ ಚಿಂತಿಸುತ್ತಿದ್ದರು. ಚಿಂತೆ ಇರಬೇಕಾದ್ದು ಹಾಲಿನ ಪ್ರಮಾಣ ಮತ್ತು ಆ ಪೈಸೆಗಳ ಮೇಲೆ.

ನನಗೆ ನಿದ್ದೆ ಕೆಡಿಸಿದ ಅಪಾಯ ಮಾತ್ರ ಬೇರೆ. ಅದು ಟ್ಯಾಂಕಿನಿಂದಲೇ ಹುಟ್ಟುವಂಥದ್ದು. ಕ್ಯಾನಿನಲ್ಲಿ ಕಳಿಸುವಾಗ ಯಾರದೋ ಹಾಲು ಒಡೆದಿದ್ದರೆ ವಾಪಸ್ ಬರುತ್ತಿದ್ದುದು ಆ ಒಂದು ಕ್ಯಾನು, 40 ಲೀಟರ್. ಈಗ ಊರಿನ ಹಾಲೆಲ್ಲ ಒಂದೇ ಕಡೆ. ಒಂದು ಚೊಂಬು ಕೆಟ್ಟ ಹಾಲು ಸೇರಿದರೆ ಆ ದಿನದ 1,150 ಲೀಟರ್‌ಗೂ ಕುತ್ತು. ಲೀಟರಿಗೆ 35 ರೂಪಾಯಿಯಂತೆ ಒಂದೇ ದಿನ 40,000 ರೂಪಾಯಿ ಹೋಗುತ್ತದೆ. ವರ್ಷದಲ್ಲಿ ಎರಡು ಸಲ ಹೀಗಾದರೆ ಉಳಿಕೆಯಲ್ಲಿ ಐದನೇ ಎರಡು ಪಾಲು ಕೊಚ್ಚಿಹೋಗುತ್ತದೆ. ಇದಕ್ಕೆ ತಡೆಯಿದೆ: ಅನುಮಾನ ಬಂದ ಹಾಲಿಗೆ ಸಮಪ್ರಮಾಣದ ಆಲ್ಕೋಹಾಲ್ ಬೆರೆಸಿ ನೋಡುವುದು. ಹುಳಿ ಏರಿದ ಹಾಲು ಕೂಡಲೇ ಕಣಕಣವಾಗಿ ಒಡೆಯುತ್ತದೆ. ಪರೀಕ್ಷೆಗೆ ಅರ್ಧ ನಿಮಿಷವೂ ಬೇಡ. ಕಷ್ಟವಿರುವುದು ಬೇರೆಡೆ. ಬೆಳಗ್ಗೆ ಆರೂವರೆಗೆ ಸಾಲು ನಿಂತಿರುವಾಗ ಸೋದರಮಾವನ ಹಾಲನ್ನು ವಾಪಸ್ ತೆಗೆದುಕೊಂಡು ಹೋಗು ಎನ್ನುವುದು ಯಾರು? ಆ ಹೆಸರನ್ನೂ, ಹಾಗೆ ಹೇಳಲು ಸಂಘ ಕೊಟ್ಟ ಅಧಿಕಾರವನ್ನೂ ರಿಪೋರ್ಟಿನಲ್ಲೇ ಬರೆದೆವು.

ನಮ್ಮ ಎಂಬತ್ತು ಪಾಲಿನ ಊಹೆಗೆ ಸಾಕ್ಷಿ ಬೇಕಿತ್ತು. ಬ್ರಿಟನ್ನಿನ ಖಜಾನೆ ಇಲಾಖೆ ಸರ್ಕಾರಿ ಯೋಜನೆಗಳಿಗಾಗಿ 'ಗ್ರೀನ್ ಬುಕ್' ಎಂಬ ಕೈಪಿಡಿ ಇಟ್ಟುಕೊಂಡಿದೆ. ಯೋಜನೆ ಮಾಡುವವರು ಖರ್ಚನ್ನು ಕಡಿಮೆ, ಲಾಭವನ್ನು ಹೆಚ್ಚು ಎಣಿಸುವುದು ಸಹಜವೆಂದು ಒಪ್ಪಿಕೊಂಡು, ಹಿಂದೆ ಮುಗಿದ ಅದೇ ಬಗೆಯ ಯೋಜನೆಗಳ ಅನುಭವದಿಂದ ಅಂಕಿಗಳನ್ನು ತಿದ್ದಲು ಅದು ಹೇಳುತ್ತದೆ. ನಮ್ಮ ಮಟ್ಟಿಗೆ ಇದು ಬಹಳ ಸರಳವಾಯಿತು. ಬೈಕಿನಲ್ಲಿ ಎಂಟು ಕಿಲೋಮೀಟರ್ ಹೋಗಿ, ಮೂರು ವರ್ಷದ ಹಿಂದೆ ಬಿಎಂಸಿ ಹಾಕಿದ ಡೇರಿಯ ರಿಜಿಸ್ಟರ್ ನೋಡಿದೆವು. ಅಲ್ಲಿ ಮೊದಲ ವರ್ಷ ಹುಳಿ ಇಳಿದದ್ದು ಅರ್ಧದಷ್ಟು ಮಾತ್ರ. ಜನ ಪಾತ್ರೆ ತೊಳೆಯುವ ಪಾಠ ಕಲಿತ ಮೇಲೆ ಎಂಬತ್ತರ ಹತ್ತಿರ ಬಂದಿತ್ತು. ಹಾಗಾಗಿ ಮೊದಲ ವರ್ಷಕ್ಕೆ ಐವತ್ತು, ಆಮೇಲೆ ಎಂಬತ್ತು ಎಂದು ತಿದ್ದಿದೆವು.

ಹೊಸ ಪುಟದ ಮೊದಲ ಸಾಲು ಈಗ ಹೀಗಿದೆ: "ವರ್ಷಕ್ಕೆ 6,600 ಲೀಟರ್ ಹಾಲು ಹುಳಿಯಿಂದ ತಿರಸ್ಕೃತವಾಗುತ್ತಿದೆ (ಸಂಘದ ರಿಜಿಸ್ಟರ್). ಎರಡನೇ ವರ್ಷದಿಂದ ಇದರಲ್ಲಿ ಶೇಕಡ 80 ಉಳಿಯುತ್ತದೆಂದು ಊಹಿಸಿದ್ದೇವೆ. ಪ್ರತಿವರ್ಷ ಜೂನ್ ಮೊದಲ ವಾರ ಅದೇ ರಿಜಿಸ್ಟರಿನಿಂದ ಪರಿಶೀಲಿಸುವವರು ಕಾರ್ಯದರ್ಶಿ."

ಬ್ಯಾಂಕಿಗೆ ಅದನ್ನು ಕೊಡುವ ಮೊದಲು ಆಡಳಿತ ಮಂಡಳಿಯ ಮುಂದೆ ಓದಿದೆವು. ಪೂರ್ತಿ ಸಾಲದ ಮೇಲೆ ಬೇಡ ಎಂದು ಅವರೇ ತೀರ್ಮಾನಿಸಿದರು. ರಾಷ್ಟ್ರೀಯ ಡೈರಿ ಅಭಿವೃದ್ಧಿ ಕಾರ್ಯಕ್ರಮದಲ್ಲಿ ಹಳ್ಳಿಯ ಬಿಎಂಸಿಗೆ ನೆರವು ಸಿಗುತ್ತದೆ. ಅರ್ಧ ಹಣ ಅಲ್ಲಿಂದ ಬಂದರೆ ಕಂತು 1,14,000ಕ್ಕೆ ಇಳಿದು, ಕೆಟ್ಟ ವರ್ಷದಲ್ಲೂ ಕಟ್ಟಬಹುದು. ಒಕ್ಕೂಟದ ಮೂಲಕ ಅರ್ಜಿ ಹೋಯಿತು. ಅದರ ಜೊತೆಗೆ ಇನ್ನೊಂದು ಪತ್ರವನ್ನೂ ಅಧ್ಯಕ್ಷರು ಕಳಿಸಿದರು: ಲಾರಿ ಬಾಡಿಗೆಯಲ್ಲಿ ನಿಮಗೆ ಉಳಿಯುವುದರಲ್ಲಿ ನಮಗೆಷ್ಟು ಕೊಡುತ್ತೀರಿ ಎಂದು. ಟ್ಯಾಂಕು ಇನ್ನೂ ಬಂದಿಲ್ಲ. ಆಲ್ಕೋಹಾಲ್ ಪರೀಕ್ಷೆಯನ್ನು ಮಾತ್ರ ಕಾರ್ಯದರ್ಶಿ ಈಗಿನಿಂದಲೇ ಕ್ಯಾನಿನ ಹಾಲಿಗೇ ಶುರು ಮಾಡಿದ್ದಾರೆ.