ಮುಟ್ಟಿನಲ್ಲಿ ರಕ್ತದ ಹೆಪ್ಪು: ಎಷ್ಟು ಸಹಜ, ಎಷ್ಟು ಅಪಾಯ?

ಕಳೆದ ಮಳೆಗಾಲದಲ್ಲಿ ನಲವತ್ಮೂರು ವರ್ಷದ ತಾಯಿಯೊಬ್ಬರು ನನ್ನಲ್ಲಿಗೆ ಬಂದರು. ಅವರು ಹೇಳಿಕೊಂಡದ್ದು ಮುಟ್ಟಿನ ತೊಂದರೆಯನ್ನಲ್ಲ. ನಾಲ್ಕು ಮೆಟ್ಟಿಲು ಹತ್ತಿದರೆ ಎದೆ ಹೊಡೆದುಕೊಳ್ಳುತ್ತದೆ, ಅಡುಗೆಮನೆಯಲ್ಲಿ ನಿಂತಲ್ಲೇ ಕಣ್ಣು ಕತ್ತಲೆ ಬರುತ್ತದೆ, ಹಸಿ ಅಕ್ಕಿಯನ್ನು ತಿನ್ನಬೇಕೆಂಬ ಚಪಲ ತಡೆಯಲಾಗುವುದಿಲ್ಲ ಎಂದರು. ಕಣ್ಣಿನ ಕೆಳರೆಪ್ಪೆಯನ್ನು ಎಳೆದು ನೋಡಿದರೆ ಸುಣ್ಣದಂತೆ ಬಿಳುಪು. ಮುಟ್ಟಿನ ವಿಷಯ ಕೇಳಿದಾಗ ತಲೆ ತಗ್ಗಿಸಿ, "ಎಂಟು ತಿಂಗಳಿಂದ ಗಡ್ಡೆ ಗಡ್ಡೆಯಾಗಿ ಹೋಗುತ್ತದೆ ಡಾಕ್ಟ್ರೇ. ಕೆಟ್ಟ ರಕ್ತ ಹೋಗುತ್ತಿದೆ, ಹೋಗಲಿ ಬಿಡು ಎಂದು ನಮ್ಮ ಅತ್ತೆಯವರು ಹೇಳಿದರು" ಎಂದರು.

ಈ "ಕೆಟ್ಟ ರಕ್ತ" ಎಂಬ ಮಾತನ್ನು ನಾನು ಮೂವತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ಕೇಳುತ್ತಿದ್ದೇನೆ. ಹೆಪ್ಪಾಗಿ ಹೋಗುವುದು ಕೆಟ್ಟ ರಕ್ತವಲ್ಲ. ನಮ್ಮ ನಾಳಗಳಲ್ಲಿ ಹರಿಯುತ್ತಿದ್ದ ಒಳ್ಳೆಯ ರಕ್ತವೇ ಅದು. ಗಾಯದಿಂದ ಸುರಿದ ರಕ್ತ ಕೆಲವು ನಿಮಿಷಗಳಲ್ಲಿ ಹೆಪ್ಪುಗಟ್ಟುತ್ತದೆಯಷ್ಟೆ. ಆದರೆ ಮುಟ್ಟಿನ ರಕ್ತವು ಸಾಮಾನ್ಯವಾಗಿ ತೆಳುವಾಗಿಯೇ ಹೊರಬರುತ್ತದೆ. ಏಕೆಂದರೆ ಹೆಪ್ಪನ್ನು ಕರಗಿಸುವ ದ್ರವ್ಯಗಳು ಗರ್ಭಕೋಶದಲ್ಲಿಯೇ ಇವೆ. ಸ್ರಾವ ನಿಧಾನವಾಗಿದ್ದರೆ ಈ ದ್ರವ್ಯಗಳಿಗೆ ಕೆಲಸ ಮಾಡಲು ಸಮಯ ದೊರೆಯುತ್ತದೆ. ಸ್ರಾವದ ವೇಗ ಹೆಚ್ಚಿದಾಗ ಅವು ಸಾಲುವುದಿಲ್ಲ, ರಕ್ತವು ಒಳಗೇ ಹೆಪ್ಪಾಗುತ್ತದೆ. ಆ ಹೆಪ್ಪನ್ನು ಹೊರದೂಡಲು ಗರ್ಭಕೋಶ ಹಿಂಡಿಕೊಳ್ಳುವುದರಿಂದಲೇ ದೊಡ್ಡ ಹೆಪ್ಪು ಹೋಗುವ ಮುನ್ನ ಕಿಬ್ಬೊಟ್ಟೆಯಲ್ಲಿ ಬಿಗಿಯಾದ ನೋವು ಬರುತ್ತದೆ. ಆದ್ದರಿಂದ ಹೆಪ್ಪನ್ನು ಶುದ್ಧಿಯ ಗುರುತೆಂದು ತಿಳಿಯದೆ, ರಕ್ತ ಎಷ್ಟು ವೇಗವಾಗಿ ನಷ್ಟವಾಗುತ್ತಿದೆ ಎಂಬುದರ ಗುರುತೆಂದು ತಿಳಿಯಬೇಕು.

ಹಾಗೆಂದು ಪ್ರತಿಯೊಂದು ಹೆಪ್ಪಿಗೂ ಹೆದರಬೇಕಾಗಿಲ್ಲ. ಮುಟ್ಟಿನ ಮೊದಲ ಎರಡು ದಿನಗಳಲ್ಲಿ ಕಡಲೆಕಾಳಿನಷ್ಟು ಅಥವಾ ಅದಕ್ಕಿಂತ ತುಸು ದೊಡ್ಡ ಹೆಪ್ಪುಗಳು ಒಂದೆರಡು ಬೀಳುವುದು ಬಹಳ ಮಂದಿಗೆ ಸಹಜ. ರಾತ್ರಿ ಮಲಗಿದ್ದಾಗ ರಕ್ತ ಒಳಗೇ ನಿಂತು, ಬೆಳಿಗ್ಗೆ ಎದ್ದೊಡನೆ ಕಪ್ಪುಗೆಂಪು ಬಣ್ಣದ ಒಂದು ಹೆಪ್ಪು ಬರುವುದೂ ಉಂಟು. ಕಪ್ಪಾಗಿರುವುದಕ್ಕೆ ಕಾರಣ ನಿಂತದ್ದೇ ಹೊರತು ದೋಷವಲ್ಲ.

ಚಿಂತೆಯ ಗೆರೆಯನ್ನು ವೈದ್ಯರು ಎರಡೂವರೆ ಸೆಂಟಿಮೀಟರಿಗೆ, ಅಂದರೆ ಒಂದು ಅಂಗುಲಕ್ಕೆ ಎಳೆಯುತ್ತಾರೆ. ನಮ್ಮ ಹತ್ತು ರೂಪಾಯಿ ನಾಣ್ಯದ ಅಗಲ 27 ಮಿಲಿಮೀಟರ್. ಮನೆಯ ಅಳತೆಗೆ ಅದು ಸಾಕು. ಅಷ್ಟು ಅಗಲದ ಹೆಪ್ಪು ಒಂದು ತಿಂಗಳು ಒಮ್ಮೆ ಬಿದ್ದು ಮುಂದಿನ ತಿಂಗಳು ಇಲ್ಲದಿದ್ದರೆ ಬರೆದಿಟ್ಟುಕೊಂಡು ಗಮನಿಸಿದರೆ ಸಾಕು. ಅದೇ ಪ್ರತಿ ತಿಂಗಳೂ ಬೀಳುತ್ತಿದ್ದರೆ, ಅಥವಾ ಒಂದೇ ದಿನದಲ್ಲಿ ಹಲವು ಬಾರಿ ಬಿದ್ದರೆ, ವೈದ್ಯರನ್ನು ಕಾಣಲೇಬೇಕು. ಗಾತ್ರದ ಜೊತೆಗೆ ಗಡಿಯಾರವನ್ನೂ ನೋಡಬೇಕು: ಪ್ಯಾಡನ್ನು ಎರಡು ಗಂಟೆಯೊಳಗೇ ಬದಲಿಸಬೇಕಾಗುವುದು, ರಾತ್ರಿ ಅದಕ್ಕಾಗಿಯೇ ಏಳಬೇಕಾಗುವುದು, ಸ್ರಾವ ಏಳು ದಿನಗಳನ್ನು ಮೀರುವುದು, ಇವೆಲ್ಲ ಅದೇ ಅತಿಸ್ರಾವದ ಲಕ್ಷಣಗಳು. ಬಟ್ಟೆ ಬಳಸುವವರು ಅದು ಪೂರ್ತಿ ತೊಯ್ಯಲು ಹಿಡಿಯುವ ಸಮಯವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಹುದು.

ಆ ತಾಯಿಯವರನ್ನು ಇದೇ ಕ್ರಮದಲ್ಲಿ ಕೇಳಿದೆ. ಹೆಪ್ಪಿನ ಗಾತ್ರ? "ಸಣ್ಣ ನಿಂಬೆಹಣ್ಣಿನಷ್ಟು." ಎಷ್ಟು? "ಎರಡನೆಯ ದಿನ ನಾಲ್ಕೈದು." ಪ್ಯಾಡ್ ಒಂದೂವರೆ ಗಂಟೆಗೊಮ್ಮೆ, ರಾತ್ರಿ ಹಾಸಿಗೆಯ ಮೇಲೆ ಹಳೆಯ ಟವೆಲ್, ಒಟ್ಟು ಒಂಬತ್ತು ದಿನ. ಐದು ತಿಂಗಳು ಅಂಗಡಿಯಿಂದ ಅಶೋಕಾರಿಷ್ಟ ತಂದು ಕುಡಿದಿದ್ದರು. ಅದು ನಮ್ಮ ಶಾಸ್ತ್ರದ ಔಷಧವೇ, ನಾನೂ ಕೊಡುತ್ತೇನೆ. ಆದರೆ ಕಾರಣ ತಿಳಿಯದೆ ಐದು ತಿಂಗಳು ಕುಡಿಯುವುದು ಚಿಕಿತ್ಸೆಯಲ್ಲ, ಕಾಲಹರಣ. ಸುಶ್ರುತರು ಅತಿಸ್ರಾವವನ್ನು ಅಸೃಗ್ದರವೆಂದು ಕರೆದು, ಅದು ಮುಂದುವರಿದರೆ ದೌರ್ಬಲ್ಯ, ತಲೆಸುತ್ತು, ಕಣ್ಣು ಕತ್ತಲೆ, ಮೂರ್ಛೆ, ಪಾಂಡುತ್ವ ಬರುವುವೆಂದು ಹೇಳಿದ್ದಾರೆ. ಈ ತಾಯಿಯವರು ಆ ಪಟ್ಟಿಯ ಅರ್ಧವನ್ನು ಆಗಲೇ ದಾಟಿದ್ದರು.

ಅಂದೇ ರಕ್ತಪರೀಕ್ಷೆ ಮಾಡಿಸಿದೆ. ಹಿಮೋಗ್ಲೋಬಿನ್ 6.9, ಗರ್ಭಿಣಿಯಲ್ಲದ ಸ್ತ್ರೀಗೆ 12 ಆದರೂ ಇರಬೇಕು. ಗರ್ಭಪರೀಕ್ಷೆಯನ್ನೂ ಮಾಡಿಸಿದೆ, ಇರಲಿಲ್ಲ. ಈ ವಯಸ್ಸಿನಲ್ಲಿ ಅದೇಕೆ ಎಂದು ಮನೆಯವರು ನಕ್ಕರು. ಆದರೆ ಮುಟ್ಟು ನಿಲ್ಲುವವರೆಗೆ ಆ ಸಾಧ್ಯತೆಯನ್ನು ಮರೆಯಬಾರದು. ಕೂಡಲೇ ಸ್ತ್ರೀರೋಗ ತಜ್ಞರಲ್ಲಿಗೆ ಕಳುಹಿಸಿದೆ. ಸ್ಕ್ಯಾನಿಂಗ್‌ನಲ್ಲಿ ಗರ್ಭಕೋಶದ ಒಳಪದರದೊಳಕ್ಕೆ ಚಾಚಿಕೊಂಡಿದ್ದ ಮೂರು ಸೆಂಟಿಮೀಟರಿನ ಫೈಬ್ರಾಯ್ಡ್ ಗಡ್ಡೆ ಕಂಡಿತು. ಫೈಬ್ರಾಯ್ಡ್ ಎಂದರೆ ಸ್ನಾಯುವಿನ ಗಂಟು; ಅದು ಕ್ಯಾನ್ಸರ್ ಆಗಿರುವುದು ಬಹಳ ಅಪರೂಪ. ಗರ್ಭಕೋಶದ ಹೊರಮೈಯಲ್ಲಿ ದೊಡ್ಡದಾಗಿ ಬೆಳೆದರೂ ಕೆಲವೊಮ್ಮೆ ಸುಮ್ಮನಿರುವ ಈ ಗಂಟು, ಒಳಪದರದ ಕಡೆಗೆ ಬೆಳೆದರೆ ಚಿಕ್ಕದಾಗಿದ್ದೂ ಧಾರಾಕಾರ ಸ್ರಾವ ಮಾಡಿಸುತ್ತದೆ.

ಅವರು ಎಂಟು ತಿಂಗಳು ಬಾಯಿ ಬಿಡದಿದ್ದುದಕ್ಕೆ ಇನ್ನೊಂದು ಕಾರಣವನ್ನು ಆಮೇಲೆ ಹೇಳಿದರು: "ಹೇಳಿದರೆ ಗರ್ಭಕೋಶವನ್ನೇ ತೆಗೆಸುತ್ತಾರೆಂದು ಹೆದರಿದ್ದೆ." ಹಾಗಾಗಲಿಲ್ಲ. ಮೊದಲು ರಕ್ತ ಏರಿಸಿದರು, ನಾಳದ ಮೂಲಕ ಕಬ್ಬಿಣಾಂಶ ಕೊಟ್ಟರು. ಬಳಿಕ ಹೊಟ್ಟೆ ಕೊಯ್ಯದೆ, ಯೋನಿಮಾರ್ಗದಿಂದ ಸಣ್ಣ ದರ್ಶಕ ನಳಿಕೆಯನ್ನು ಹಾಕಿ ಗಂಟನ್ನಷ್ಟೇ ತೆಗೆದರು. ಎಲ್ಲರಿಗೂ ಇದು ಒದಗುವುದಿಲ್ಲ. ಗಂಟು ಎಲ್ಲಿದೆ, ಎಷ್ಟಿದೆ ಎಂಬುದರ ಮೇಲೆ ಚಿಕಿತ್ಸೆ ನಿರ್ಧಾರವಾಗುತ್ತದೆ. ಮೂರು ತಿಂಗಳ ನಂತರ ಅವರ ಹಿಮೋಗ್ಲೋಬಿನ್ 11ಕ್ಕೆ ಬಂದಿತ್ತು, ಅಕ್ಕಿಯ ಚಪಲ ತಾನಾಗಿ ಹೋಗಿತ್ತು. ಆ ಚಪಲವೂ ಕಬ್ಬಿಣಾಂಶದ ಕೊರತೆಯ ಒಂದು ಲಕ್ಷಣವೇ.

ದೊಡ್ಡ ಹೆಪ್ಪಿಗೆ ಫೈಬ್ರಾಯ್ಡ್ ಒಂದೇ ಕಾರಣವಲ್ಲ. ಥೈರಾಯ್ಡ್ ಮಂದವಾಗಿರುವುದು, ಕಾಪರ್-ಟಿ, ರಕ್ತ ತೆಳುವಾಗಿಸುವ ಮಾತ್ರೆಗಳು, ಅಂಡೋತ್ಪತ್ತಿಯ ಏರುಪೇರು ಇವೂ ಇರಬಹುದು. ಮೈನೆರೆದಂದಿನಿಂದಲೂ ಹುಡುಗಿಗೆ ಹೀಗೆಯೇ ಆಗುತ್ತಿದ್ದು, ಜೊತೆಗೆ ಮೂಗಿನಲ್ಲಿ ರಕ್ತ ಬರುವುದು, ಸಣ್ಣ ತಾಗಿಕೆಗೂ ಮೈ ಕಂದುವುದು ಇದ್ದರೆ ಹುಟ್ಟಿನಿಂದ ಬಂದ ರಕ್ತಸ್ರಾವದ ದೋಷವನ್ನು ಪರೀಕ್ಷಿಸಬೇಕು. ನಲವತ್ತೈದು ದಾಟಿದವರಲ್ಲಿ ಸ್ರಾವದ ಕ್ರಮ ಹೊಸದಾಗಿ ಕೆಟ್ಟಿದ್ದರೆ ಗರ್ಭಕೋಶದ ಒಳಪದರದ ಚೂರನ್ನು ಪರೀಕ್ಷೆಗೆ ಕಳುಹಿಸುವುದು ರೂಢಿ. ಮುಟ್ಟು ನಿಂತು ಒಂದು ವರ್ಷವಾದ ಮೇಲೆ ಕಾಣಿಸಿದ ರಕ್ತಕ್ಕೆ ನಾಣ್ಯದ ಅಳತೆಯೇ ಬೇಡ; ಒಂದು ಹನಿಯಾದರೂ ತೋರಿಸಬೇಕು.

ಕಾಯಬಾರದ ಸಂದರ್ಭಗಳೂ ಇವೆ. ಗಂಟೆಗೊಂದು ಪ್ಯಾಡಿನಂತೆ ಎರಡು ಗಂಟೆಗೂ ಮೀರಿ ಪೂರ್ತಿ ತೊಯ್ಯುತ್ತಿದ್ದರೆ, ನಿಂತರೆ ತಲೆ ತಿರುಗಿ ಬೀಳುವಂತಾದರೆ, ಉಸಿರು ಕಟ್ಟಿದರೆ, ಮುಟ್ಟು ತಪ್ಪಿದ್ದವರಿಗೆ ಹೊಟ್ಟೆನೋವಿನೊಂದಿಗೆ ಹೆಪ್ಪು ಬೀಳತೊಡಗಿದರೆ, ಅದು ರಾತ್ರಿಯಾದರೂ ಸರಿ, ರಕ್ತ ಏರಿಸುವ ವ್ಯವಸ್ಥೆಯಿರುವ ಆಸ್ಪತ್ರೆಗೆ ಹೋಗಬೇಕು. ಅಂಥ ಹೊತ್ತಿನಲ್ಲಿ ನನ್ನಂಥವನ ಬಳಿಗೆ ಬಂದು ಕಷಾಯ ಕೇಳಬೇಡಿ. ಬಿದ್ದದ್ದು ಹೆಪ್ಪಿನಂತೆ ಮೆದುವಾಗಿ ಕರಗದೆ, ಬೂದು ಬಣ್ಣದ ಮಾಂಸದ ಪೊರೆಯಂತಿದ್ದರೆ ಎಸೆಯದೆ ಶುಚಿಯಾದ ಡಬ್ಬಿಯಲ್ಲಿ ಹಾಕಿ ವೈದ್ಯರಿಗೆ ಒಯ್ಯಿರಿ. ಗರ್ಭ ಜಾರಿರಬಹುದೇ ಎಂಬುದನ್ನು ತಿಳಿಯಲು ಅದು ನೆರವಾಗುತ್ತದೆ.

ರಜಃಸೂತಕವನ್ನೇ ಒಪ್ಪದ ಶರಣರ ಪರಂಪರೆಯವರು ನಾವು. ಆದರೂ ಹೆಪ್ಪಿನ ಗಾತ್ರವನ್ನು ಹೇಳಲು ಹೆಣ್ಣುಮಕ್ಕಳು ಇನ್ನೂ ತಲೆ ತಗ್ಗಿಸುತ್ತಾರೆ. ಬಾಯಲ್ಲಿ ಹೇಳಲು ಸಂಕೋಚವಾದರೆ ಗೋಡೆಯ ಪಂಚಾಂಗದಲ್ಲಿ ಬರೆದು ತನ್ನಿ: ಮುಟ್ಟಿನ ಪ್ರತಿ ದಿನದ ಎದುರು ಎಷ್ಟು ಪ್ಯಾಡ್, ನಾಣ್ಯಕ್ಕಿಂತ ದೊಡ್ಡ ಹೆಪ್ಪು ಎಷ್ಟು ಎಂಬ ಎರಡು ಅಂಕಿಗಳು. ಎರಡು ತಿಂಗಳಿನ ಅಂಥ ಹಾಳೆಯನ್ನು ಮುಂದಿಟ್ಟರೆ ವೈದ್ಯರಿಗೆ ಬೇಕಾದ ಮಾತು ಅದರಲ್ಲೇ ಇರುತ್ತದೆ.