ಬ್ರ್ಯಾಕೆಟ್ಟಿನ ಸಾಲ, ಬೋಲ್ಟಿನ ತಲೆಗೆ

ಬೆಂಗಳೂರಿನ ಪೀಣ್ಯದಂಥ ಕೈಗಾರಿಕಾ ಪ್ರದೇಶಗಳಲ್ಲಿ ಸಣ್ಣಪುಟ್ಟ ಬಿಡಿಭಾಗಗಳ ಜಿಂಕ್ ಪ್ಲೇಟಿಂಗ್ ರೇಟು ಕುದುರುವುದು ಹೆಚ್ಚಾಗಿ ಕಿಲೋ ಲೆಕ್ಕದಲ್ಲಿ. ತುಕ್ಕು ಹಿಡಿಯದಿರಲೆಂದು ಸತುವಿನ ತೆಳುಲೇಪನ ಬೇಕಾದ ಬೋಲ್ಟು, ನಟ್ಟು, ಕ್ಲಿಪ್ಪು, ಬ್ರ್ಯಾಕೆಟ್ಟುಗಳು ಮೂಟೆಯಲ್ಲಿ ಬರುತ್ತವೆ. ತೂಗಿ, ಲೇಪಿಸಿ, ತೂಕಕ್ಕೆ ತಕ್ಕಂತೆ ಬಿಲ್ಲು ಹಾಕುತ್ತಾರೆ. ಸತು, ರಾಸಾಯನಿಕ, ಕರೆಂಟು, ಕೂಲಿ ಇಷ್ಟನ್ನೂ ಯಾವ ಕೆಲಸಕ್ಕೆ ಎಷ್ಟು ಎಂದು ಮಾಲೀಕರು ಹೆಚ್ಚುಕಡಿಮೆ ಬಾಯಲ್ಲೇ ಹೇಳಬಲ್ಲರು. ಆದರೆ ಕೊಳಕು ನೀರನ್ನು ಶುದ್ಧಮಾಡುವ ಖರ್ಚು, ಅದರಿಂದ ಉಳಿದ ಕೆಸರನ್ನು ಸಾಗಿಸುವ ಖರ್ಚು ಯಾವ ಮಾಲಿನದು ಎಂದು ಕೇಳಿದರೆ ಉತ್ತರ ಸಿಗುವುದು ಕಷ್ಟ. ಬಾಡಿಗೆ, ವಾಚ್‌ಮನ್ ಸಂಬಳ, ಫೋನ್ ಬಿಲ್ಲುಗಳ ಜೊತೆಗೆ ಅದೂ ‘ಓವರ್‌ಹೆಡ್’ ಎಂಬ ಒಂದೇ ಗಂಟಿಗೆ ಸೇರಿರುತ್ತದೆ. ತಿಂಗಳ ಕೊನೆಗೆ ಆ ಗಂಟನ್ನು ಒಟ್ಟು ಕಿಲೋಗಳಿಂದ ಭಾಗಿಸಿ ಎಲ್ಲ ಮಾಲಿಗೂ ಸಮನಾಗಿ ಹಂಚುತ್ತಾರೆ.

ಅನ್ಯಾಯ ಶುರುವಾಗುವುದು ಈ ಸಮಪಾಲಿನಲ್ಲಿ. ಎಲ್ಲ ಮಾಲೂ ಒಂದೇ ಪ್ರಮಾಣದಲ್ಲಿ ಕೊಳೆ ಮಾಡುವುದಿಲ್ಲ.

ಕೊಳೆ ಹುಟ್ಟುವ ಜಾಗ

ಪ್ಲೇಟಿಂಗ್ ಎಂದರೆ ಸಾಲಾಗಿ ನಿಂತ ಟ್ಯಾಂಕುಗಳ ಪಯಣ. ಮೊದಲು ಎಣ್ಣೆ ಜಿಡ್ಡು ತೆಗೆಯಬೇಕು, ಆಮೇಲೆ ಆಮ್ಲದಲ್ಲಿ ತುಕ್ಕು ಬಿಡಿಸಬೇಕು, ಅನಂತರ ಸತುವಿನ ದ್ರಾವಣದಲ್ಲಿ ಮುಳುಗಿಸಿ ವಿದ್ಯುತ್ ಹರಿಸಬೇಕು. ಕೊನೆಗೆ ಲೇಪನ ಬಾಳಿಕೆ ಬರಲೆಂದು ‘ಪ್ಯಾಸಿವೇಶನ್’ ದ್ರಾವಣದಲ್ಲಿ ಅದ್ದುತ್ತಾರೆ. ಪ್ರತಿ ಹಂತದ ನಡುವೆ ನೀರಿನಲ್ಲಿ ತೊಳೆಯುವುದು ಇದ್ದೇ ಇದೆ. ಟ್ಯಾಂಕಿನಿಂದ ಮೇಲೆತ್ತಿದಾಗ ಮಾಲಿಗೆ ಅಂಟಿಕೊಂಡು ಬರುವ ದ್ರಾವಣಕ್ಕೆ ‘ಡ್ರ್ಯಾಗ್‌ಔಟ್’ ಎನ್ನುತ್ತಾರೆ. ತೊಳೆಯುವ ನೀರು ವಿಷವಾಗುವುದು ಬಹುಪಾಲು ಇದರಿಂದಲೇ.

ನುಣುಪಾದ ಬೋಲ್ಟಿನಿಂದ ದ್ರಾವಣ ಬೇಗ ಸೋರಿಹೋಗುತ್ತದೆ. ಬಟ್ಟಲಿನಂತೆ ಬಾಗಿದ, ಮೂಲೆಮೂಲೆ ಮಡಿಚಿದ ಬ್ರ್ಯಾಕೆಟ್ಟು ಮಾತ್ರ ದ್ರಾವಣವನ್ನು ತುಂಬಿಕೊಂಡೇ ಮುಂದಿನ ಟ್ಯಾಂಕಿಗೆ ಹೋಗುತ್ತದೆ. ಪ್ಯಾಸಿವೇಶನ್ನಿನಲ್ಲಿ ಇನ್ನೊಂದು ವ್ಯತ್ಯಾಸವಿದೆ. ತಿಳಿನೀಲಿ ಛಾಯೆಗೆ ಈಗ ಹೆಚ್ಚಾಗಿ ಟ್ರೈವೇಲೆಂಟ್ ಕ್ರೋಮಿಯಂ ಸಾಕು. ಹಳೆಯ ಬಗೆಯ ಹಳದಿ ಛಾಯೆಗೆ ಹೆಕ್ಸಾವೇಲೆಂಟ್ ಕ್ರೋಮಿಯಂ ಬೇಕು. ಎರಡನೆಯದು ಕ್ಯಾನ್ಸರ್‌ಕಾರಕ, ನೀರಿನಲ್ಲಿ ಸುಲಭವಾಗಿ ಕರಗಿ ನೆಲದಾಳಕ್ಕೆ ಇಳಿಯುತ್ತದೆ. ನಮ್ಮ ನಿಯಮಗಳ ಪ್ರಕಾರ ಪ್ಲೇಟಿಂಗ್ ಘಟಕ ಹೊರಬಿಡುವ ನೀರಿನಲ್ಲಿ ಅದು ಲೀಟರಿಗೆ 0.1 ಮಿಲಿಗ್ರಾಂ ಮೀರುವಂತಿಲ್ಲ.

ಆ ಮಟ್ಟಕ್ಕೆ ಇಳಿಸಲು ಎರಡು ಹಂತದ ಕೆಲಸ ನಡೆಯಬೇಕು. ಮೊದಲು ನೀರಿಗೆ ಆಮ್ಲ ಸೇರಿಸಿ, ಸೋಡಿಯಂ ಮೆಟಾಬೈಸಲ್ಫೈಟ್ ಹಾಕಿ ಹೆಕ್ಸಾವೇಲೆಂಟನ್ನು ಟ್ರೈವೇಲೆಂಟಿಗೆ ತಿರುಗಿಸಬೇಕು. ಅನಂತರ ಸುಣ್ಣವನ್ನೋ ಕಾಸ್ಟಿಕ್ಕನ್ನೋ ಹಾಕಿ ಲೋಹಗಳೆಲ್ಲ ಗಸಿಯಾಗಿ ಕೂರುವಂತೆ ಮಾಡಬೇಕು. ಆ ಗಸಿಯನ್ನು ಫಿಲ್ಟರ್ ಪ್ರೆಸ್ಸಿನಲ್ಲಿ ಹಿಂಡಿದಾಗ ಉಳಿಯುವ ಸ್ಲಡ್ಜ್, 2016ರ ನಿಯಮಗಳಡಿ ಅಪಾಯಕಾರಿ ತ್ಯಾಜ್ಯ. ಸಾಮಾನ್ಯವಾಗಿ 90 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ದಾಬಸ್‌ಪೇಟೆ ಬಳಿ ಇರುವಂಥ ಅಧಿಕೃತ ವಿಲೇವಾರಿ ಘಟಕಕ್ಕೆ ದಾಖಲೆ ಸಮೇತ ಕಳಿಸಬೇಕು. ನೀರಿನ ಟ್ಯಾಂಕರ್, ಶುದ್ಧೀಕರಣ ಘಟಕದ ಕೆಲಸಗಾರ, ಲ್ಯಾಬ್ ಪರೀಕ್ಷೆ, ಮಂಡಳಿಯ ಶುಲ್ಕ ಇವೆಲ್ಲ ಇದರ ಜೊತೆಗೆ ಬರುತ್ತವೆ.

ಎರಡು ಮಾಲು, ಎರಡು ಲೆಕ್ಕ

ಲೆಕ್ಕ ತಿಳಿಯಲೆಂದು ಒಂದು ಕಾಲ್ಪನಿಕ ಘಟಕವನ್ನು ತೆಗೆದುಕೊಳ್ಳೋಣ. ತಿಂಗಳಿಗೆ 24,000 ಕಿಲೋ ನೀಲಿ ಛಾಯೆಯ ಬೋಲ್ಟು, 6,000 ಕಿಲೋ ಹಳದಿ ಛಾಯೆಯ ಬ್ರ್ಯಾಕೆಟ್ಟು ಅದರ ಕೆಲಸ. ನೇರ ಖರ್ಚು ಬೋಲ್ಟಿಗೆ ಕಿಲೋಗೆ 12 ರೂಪಾಯಿ, ಬ್ರ್ಯಾಕೆಟ್ಟಿಗೆ 18. ಬಾಡಿಗೆ ಮುಂತಾದ ಇತರ ಓವರ್‌ಹೆಡ್ ತಿಂಗಳಿಗೆ 90,000, ಅಂದರೆ ಕಿಲೋಗೆ 3. ಪರಿಸರದ ಬಾಬ್ತು ಒಟ್ಟು 1,80,000 ರೂಪಾಯಿ. ಸಮನಾಗಿ ಹಂಚಿದರೆ ಕಿಲೋಗೆ 6.

ಹೀಗೆ ಬೋಲ್ಟಿನ ವೆಚ್ಚ 21 ಆಯಿತು, ಬ್ರ್ಯಾಕೆಟ್ಟಿನದು 27. ಮಾಲೀಕರು ಬೋಲ್ಟಿಗೆ 23, ಬ್ರ್ಯಾಕೆಟ್ಟಿಗೆ 30 ರೇಟು ಹೇಳುತ್ತಾರೆ. ಕಿಲೋಗೆ 2 ಮತ್ತು 3 ರೂಪಾಯಿ ಲಾಭ, ತಿಂಗಳಿಗೆ ಒಟ್ಟು 66,000. ಬ್ರ್ಯಾಕೆಟ್ಟೇ ಹೆಚ್ಚು ಗಿಟ್ಟುವ ಕೆಲಸ ಎಂದು ಪುಸ್ತಕ ಹೇಳುತ್ತದೆ.

ಈಗ ಗಂಟು ಬಿಚ್ಚಿ ನೋಡೋಣ. ಹೆಕ್ಸಾವೇಲೆಂಟನ್ನು ತಿರುಗಿಸುವ ರಾಸಾಯನಿಕಕ್ಕೆ ಆದ 20,000 ಪೂರ್ತಿ ಬ್ರ್ಯಾಕೆಟ್ಟಿನದು, ಏಕೆಂದರೆ ಬೋಲ್ಟಿನ ನೀರಿಗೆ ಆ ಹಂತವೇ ಬೇಕಿಲ್ಲ. ನೀರು ಮತ್ತು ಸ್ಲಡ್ಜಿನ ಖರ್ಚು 1,20,000. ಇದನ್ನು ಹಂಚಲು ಅಳತೆ ಬೇಕು. ಸತುವಿನ ಟ್ಯಾಂಕಿನ ಪಕ್ಕದಲ್ಲಿ 400 ಲೀಟರಿನ ನಿಂತ ನೀರಿನ ತೊಟ್ಟಿ ಇಟ್ಟು, 100 ಕಿಲೋ ಬೋಲ್ಟು ತೊಳೆಯುವ ಮುಂಚೆ, ತೊಳೆದ ಮೇಲೆ ನೀರಿನಲ್ಲಿ ಸತು ಎಷ್ಟಿದೆ ಎಂದು ಪರೀಕ್ಷಿಸಬೇಕು. ಲೀಟರಿಗೆ 0.05 ಗ್ರಾಂ ಏರಿದೆ ಎನ್ನಿ, ಒಟ್ಟು 20 ಗ್ರಾಂ ಸತು ಬಂದಂತಾಯಿತು. ಸತುವಿನ ದ್ರಾವಣದ ಲೀಟರಿನಲ್ಲಿ 10 ಗ್ರಾಂ ಸತು ಇದ್ದರೆ, ಬೋಲ್ಟು ಹೊತ್ತು ತಂದದ್ದು 2 ಲೀಟರ್. ನೀರು ಬದಲಿಸಿ 100 ಕಿಲೋ ಬ್ರ್ಯಾಕೆಟ್ಟಿಗೂ ಹಾಗೇ ಮಾಡಿದಾಗ 8 ಲೀಟರ್ ಬಂತು ಎಂದುಕೊಳ್ಳೋಣ. ತೂಕದಲ್ಲಿ ಐದನೇ ಒಂದು ಪಾಲಾದ ಬ್ರ್ಯಾಕೆಟ್ಟು, ಸತುವಿನ ಡ್ರ್ಯಾಗ್‌ಔಟಿನಲ್ಲಿ ಸರಿ ಅರ್ಧ ಪಾಲು ಪಡೆಯುತ್ತದೆ. ಹಳದಿ ದ್ರಾವಣದ ಕೊಳೆ ಅದರ ಮೇಲೆ ಬೇರೆ.

ಹೀಗೆ ಹಂಚಿದಾಗ ನೀರು ಮತ್ತು ಸ್ಲಡ್ಜಿನಲ್ಲಿ ಬ್ರ್ಯಾಕೆಟ್ಟಿಗೆ 75,000, ಬೋಲ್ಟಿಗೆ 45,000 ಬರುತ್ತದೆ. ಕೂಲಿ, ಕರೆಂಟು, ಪರೀಕ್ಷೆ, ಶುಲ್ಕಗಳ ಉಳಿದ 40,000ದಲ್ಲಿ ಬ್ರ್ಯಾಕೆಟ್ಟಿಗೆ 25,000, ಬೋಲ್ಟಿಗೆ 15,000. ಕೂಡಿದರೆ ಬ್ರ್ಯಾಕೆಟ್ಟಿನ ಪರಿಸರ ಖರ್ಚು 1,20,000, ಅಂದರೆ ಕಿಲೋಗೆ 20 ರೂಪಾಯಿ. ಬೋಲ್ಟಿನದು 60,000, ಕಿಲೋಗೆ ಎರಡೂವರೆ ರೂಪಾಯಿ.

ನಿಜವಾದ ವೆಚ್ಚ ಬೋಲ್ಟಿಗೆ 17.50, ಬ್ರ್ಯಾಕೆಟ್ಟಿಗೆ 41. ಮೂರು ರೂಪಾಯಿ ಲಾಭ ಕೊಡುತ್ತಿದೆ ಎಂದುಕೊಂಡಿದ್ದ ಬ್ರ್ಯಾಕೆಟ್ಟು ಕಿಲೋಗೆ 11 ರೂಪಾಯಿ ನುಂಗುತ್ತಿತ್ತು. ಅದನ್ನು ತುಂಬಿಕೊಡುತ್ತಿದ್ದದ್ದು ಬೋಲ್ಟಿನ ಗಿರಾಕಿ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ.

ವ್ಯಾಪಾರ ಹೆಚ್ಚಿದಷ್ಟೂ ನಷ್ಟ

ಒಟ್ಟು ಲಾಭ ಎರಡು ಲೆಕ್ಕದಲ್ಲೂ 66,000ವೇ ಅಲ್ಲವೆ, ಹೇಗೆ ಹಂಚಿದರೇನು ಎಂದು ಕೇಳಬಹುದು. ಗಿರಾಕಿಗಳು ಸುಮ್ಮನೆ ಕೂತಿದ್ದರೆ ಅಡ್ಡಿಯಿಲ್ಲ, ಆದರೆ ಅವರು ರೇಟು ನೋಡಿ ಓಡಾಡುತ್ತಾರೆ. ಬೋಲ್ಟು ಮಾತ್ರ ಮಾಡುವ ಪಕ್ಕದ ಘಟಕದಲ್ಲಿ ಹಳದಿ ಕ್ರೋಮಿಯಂ ಗೊಡವೆಯಿಲ್ಲ. ಅವರು ಕಿಲೋಗೆ 20 ಎನ್ನುತ್ತಾರೆ, ಬೋಲ್ಟಿನ ಅರ್ಧ ಕೆಲಸ ಅತ್ತ ಹೋಗುತ್ತದೆ. ಇತ್ತ 30 ರೂಪಾಯಿಗೆ ಬ್ರ್ಯಾಕೆಟ್ಟು ಬೇರೆಲ್ಲೂ ಆಗದ ಕಾರಣ ಆ ಕೆಲಸ ಇಮ್ಮಡಿಯಾಗುತ್ತದೆ.

ಈಗ ಎರಡೂ ತಲಾ 12,000 ಕಿಲೋ. ಪರಿಸರದ ಬಾಬ್ತು 2,70,000ಕ್ಕೆ ಏರಿತು, ಒಟ್ಟು ತೂಕ 24,000 ಕಿಲೋಗೆ ಇಳಿಯಿತು. ಸಮಪಾಲು ಕಿಲೋಗೆ 6 ಇದ್ದದ್ದು 11.25 ಆಯಿತು. ಪುಸ್ತಕದ ಪ್ರಕಾರ ಬೋಲ್ಟಿನ ವೆಚ್ಚ ಈಗ 27, ಬ್ರ್ಯಾಕೆಟ್ಟಿನದು 33. ತಿಂಗಳಿಗೆ 66,000 ಲಾಭ ಇದ್ದಲ್ಲಿ 84,000 ನಷ್ಟ ಬಂದಿದೆ. ಅದಕ್ಕಿಂತ ಕೆಟ್ಟದ್ದೆಂದರೆ ಪುಸ್ತಕ ಬೆರಳು ತೋರಿಸುವುದು ಬೋಲ್ಟಿನ ಕಡೆಗೆ: ಅದರಲ್ಲಿ ಕಿಲೋಗೆ 4 ರೂಪಾಯಿ ನಷ್ಟ, ಬ್ರ್ಯಾಕೆಟ್ಟಿನಲ್ಲಿ 3 ಮಾತ್ರ. ಮಾಲೀಕರು ಬೋಲ್ಟಿನ ರೇಟು ಏರಿಸಿದರೆ ಉಳಿದ ಗಿರಾಕಿಯೂ ಹೋದಂತೆ.

ಇಂಥ ಘಟಕವನ್ನು ಹೊರಗಿನಿಂದಲೇ ಗುರುತಿಸಬಹುದು. ಸುಲಭದ ಕೆಲಸಗಳ ಕೊಟೇಶನ್ ಒಂದೊಂದೇ ಕೈತಪ್ಪುತ್ತವೆ. ಕೊಳಕು ಕೆಲಸ ತರುವ ಗಿರಾಕಿ ಚೌಕಾಸಿ ಮಾಡದೆ ಒಪ್ಪುತ್ತಾನೆ. ಬಿಲ್ಲಿನ ಮೊತ್ತ ಏರುತ್ತಿದ್ದರೂ ಕೈಯಲ್ಲಿ ಕಾಸು ನಿಲ್ಲುವುದಿಲ್ಲ.

ಇದು ಸಣ್ಣ ಘಟಕಗಳ ಅರಿವಿನ ಕೊರತೆ ಎಂದುಕೊಳ್ಳಬೇಕಿಲ್ಲ. ಅಮೆರಿಕದ ವರ್ಲ್ಡ್ ರಿಸೋರ್ಸಸ್ ಇನ್‌ಸ್ಟಿಟ್ಯೂಟ್ 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವರ್ಜೀನಿಯಾದ ಯಾರ್ಕ್‌ಟೌನ್‌ನ ಅಮೋಕೋ ತೈಲ ಶುದ್ಧೀಕರಣಾಗಾರದ ಲೆಕ್ಕ ಇದೆ. ಕಚ್ಚಾ ತೈಲ ಬಿಟ್ಟು ಉಳಿದ ನಿರ್ವಹಣಾ ವೆಚ್ಚದಲ್ಲಿ ಪರಿಸರದ ಪಾಲು ಶೇ. 3ರಷ್ಟು ಇರಬಹುದು ಎಂದು ಮೊದಲು ಅಂದಾಜಿಸಿದ್ದರು. ಒಂದೊಂದೇ ಖಾತೆ ಬಿಚ್ಚಿ ನೋಡಿದಾಗ ಅದು ಸುಮಾರು ಶೇ. 22 ಎಂದು ತಿಳಿಯಿತು. ನಿರ್ವಹಣೆ, ದುರಸ್ತಿ ಮುಂತಾದ ಖಾತೆಗಳೊಳಗೆ ಅದು ಹರಡಿಕೊಂಡಿತ್ತು.

ಎಲ್ಲಿಗೆ ನಿಲ್ಲಿಸಬೇಕು

ಪ್ರತಿ ರೂಪಾಯಿಯ ಬೆನ್ನಟ್ಟುವುದೂ ಜಾಣತನವಲ್ಲ. ಕಾರಣ ಸ್ಪಷ್ಟವಾಗಿ ಕಾಣುವ ದೊಡ್ಡ ಬಾಬ್ತುಗಳನ್ನು, ಅಂದರೆ ನೀರು, ಸ್ಲಡ್ಜ್, ಶುದ್ಧೀಕರಣದ ರಾಸಾಯನಿಕಗಳನ್ನು ಹಂಚಿದರೆ ಚಿತ್ರದ ಬಹುಭಾಗ ಸಿಕ್ಕಿತು. ಮಂಡಳಿಯ ವಾರ್ಷಿಕ ಶುಲ್ಕದಂಥದ್ದು ಓವರ್‌ಹೆಡ್‌ನಲ್ಲೇ ಉಳಿದರೂ ಅನಾಹುತವಿಲ್ಲ. ಹಿಂದೆ ಆದ ಮಾಲಿನ್ಯವನ್ನು ಇಂದು ತೊಳೆಯುವ ಖರ್ಚನ್ನು ಇಂದಿನ ಮಾಲಿನ ತಲೆಗೆ ಕಟ್ಟಬಾರದು. ಅದು ಇಂದಿನ ಮಾಲು ಮಾಡಿದ ಕೊಳೆಯಲ್ಲ, ಬೆಲೆಯಲ್ಲಿ ಸೇರಿಸಿದರೆ ಮತ್ತೆ ಲೆಕ್ಕ ಸೊಟ್ಟಗಾಗುತ್ತದೆ.

ಈ ಲೆಕ್ಕಕ್ಕೆ ಸಿಗುವುದು ಘಟಕ ತನ್ನ ಜೇಬಿನಿಂದ ತೆತ್ತ ಹಣ ಮಾತ್ರ ಎಂಬುದೂ ನೆನಪಿರಬೇಕು. ರಾತ್ರಿ ಹೊತ್ತು ಮೋರಿಗೆ ನೀರು ಬಿಡುವವನ ಪುಸ್ತಕದಲ್ಲಿ ಪರಿಸರದ ಖರ್ಚು ಸೊನ್ನೆ. ಆ ಖರ್ಚು ಸುತ್ತಲಿನ ಬೋರ್‌ವೆಲ್ ನೀರು ಕುಡಿಯುವವರ ಮೇಲೆ ಬೀಳುತ್ತದೆ. ಅವನ ಅಗ್ಗದ ರೇಟಿನೆದುರು ಸರಿಯಾಗಿ ಲೆಕ್ಕ ಇಟ್ಟವನು ಸೋಲದಂತೆ ಮಾಡುವುದು ಅಕೌಂಟೆಂಟ್ ಕೈಯಲ್ಲಿಲ್ಲ, ತಪಾಸಣೆಯ ಕೈಯಲ್ಲಿದೆ.

ತನ್ನ ಅಂಕಣದಲ್ಲಿ ಖರ್ಚು ಕಂಡ ಮೇಲೆ ಮಾಡಬಹುದಾದ ಕೆಲಸವೂ ಕಾಣುತ್ತದೆ. ಮಾಲನ್ನು ಮೇಲೆತ್ತಿ ಇನ್ನಷ್ಟು ಸೆಕೆಂಡು ಟ್ಯಾಂಕಿನ ಮೇಲೇ ಹಿಡಿದರೆ ದ್ರಾವಣ ಅಲ್ಲೇ ಸೋರುತ್ತದೆ. ಹೊಸ ನೀರನ್ನು ಕೊನೆಯ ತೊಟ್ಟಿಗೆ ಬಿಟ್ಟು ಹಿಂದಿನದಕ್ಕೆ ಹರಿಸಿದರೆ ನೀರು ಬಹಳ ಉಳಿಯುತ್ತದೆ. ಎಲ್ಲಕ್ಕಿಂತ ಸರಳವಾದ ಉಪಾಯ ಗಿರಾಕಿಯ ಕೈಯಲ್ಲಿದೆ: ಬ್ರ್ಯಾಕೆಟ್ಟು ಪಂಚ್ ಮಾಡುವಾಗಲೇ ತಳದಲ್ಲಿ ಸೋರಲು ಒಂದು ತೂತು ಹಾಕುವುದು. ಎಲ್ಲರಿಗೂ 30 ರೂಪಾಯಿ ರೇಟು ಇರುವಾಗ ಅವನು ಆ ತೂತಿನ ಬಗ್ಗೆ ಯಾಕೆ ಯೋಚಿಸುತ್ತಾನೆ? ಇದ್ದಂತೆ ತಂದರೆ 44, ತೂತು ಹಾಕಿ ತಂದರೆ 36 ಎಂದರೆ ಯೋಚಿಸುತ್ತಾನೆ. ಆ ತೂತಿನಿಂದ ಬ್ರ್ಯಾಕೆಟ್ಟಿನ ಪರಿಸರ ಖರ್ಚು 20ರಿಂದ 13ಕ್ಕೆ ಇಳಿದರೆ ವೆಚ್ಚ 34 ಆಗುತ್ತದೆ, ಘಟಕಕ್ಕೆ ಕಿಲೋಗೆ 2 ಉಳಿಯುತ್ತದೆ. ಬೋಲ್ಟನ್ನು ಪಕ್ಕದವನ 20 ರೂಪಾಯಿ ರೇಟಿಗೇ ಮಾಡಿದರೂ ಎರಡೂವರೆ ರೂಪಾಯಿ ಲಾಭ. ಮೊದಲಿನಷ್ಟೇ ಮಾಲು ಬಂದರೆ ತಿಂಗಳ ಲಾಭ 72,000, ಹಳೆಯ 66,000ಕ್ಕಿಂತ ಹೆಚ್ಚು. ಬೋಲ್ಟಿನ ಗಿರಾಕಿ ಕಿಲೋಗೆ 3 ರೂಪಾಯಿ ಕಡಿಮೆ ಕೊಡುತ್ತಾನೆ, ಬ್ರ್ಯಾಕೆಟ್ಟಿನ ಗಿರಾಕಿ ತನ್ನ ಕೊಳೆಗೆ ತಾನೇ ಹಣ ತೆರುತ್ತಾನೆ.